ಪುಟ್ಟಿ ಹಾಕಿದರೂ ಅದೇ ಬಿರುಕು ಮತ್ತೆ ಬಾಯಿ ಬಿಡುತ್ತಿದೆ: ಇದು ಗಾರೆಯ ದೋಷವೋ, ಪಾಯದ ದೋಷವೋ?

ಬೆಟಗೇರಿ ಮನೆ · ಫೆಬ್ರುವರಿ 11
ಮನೆಯ ಗೋಡೆಗಳಲ್ಲೆಲ್ಲ ಬಿರುಕು ಬಿದ್ದಿದೆ. ಎರಡು ಸಲ ಕೆರೆಸಿ ಪುಟ್ಟಿ ತುಂಬಿಸಿ ಬಣ್ಣ ಹೊಡೆಸಿದೆವು. ದುಡ್ಡು ಹೋಯಿತು, ಬಿರುಕು ಮಾತ್ರ ಅದೇ ಜಾಗದಲ್ಲಿ ಮರಳಿ ಬಂದಿದೆ. ಮೇಸ್ತ್ರಿ "ಇದು ಎಲ್ಲರ ಮನೆಯಲ್ಲೂ ಇರುತ್ತದೆ" ಎನ್ನುತ್ತಾರೆ. ಎದುರುಮನೆಯವರು "ಪಾಯ ಕುಸಿದಿದೆ, ಮನೆ ಬಿಡಿ" ಎನ್ನುತ್ತಾರೆ. ಯಾರ ಮಾತು ನಂಬಬೇಕು? ಬಿರುಕು ಎರಡು ಮಿಲಿಮೀಟರ್‌ಗಿಂತ ಕಡಿಮೆಯೇ ಇದೆ. ದಯವಿಟ್ಟು ಯಾರಾದರೂ ಸರಿಯಾಗಿ ಹೇಳಿ.

ಗಾರೆ ಗುತ್ತಿಗೆ · ಫೆಬ್ರುವರಿ 11
ಕ್ಯೂರಿಂಗ್ ಸಾಲದೆ ಹೀಗಾಗುತ್ತದೆ ಮೇಡಂ. ಪ್ಲಾಸ್ಟರ್ ಆದ ಮೇಲೆ ಏಳು ದಿನವಾದರೂ ನೀರು ಹೊಡೆಯಬೇಕು. ಈಗಿನವರು ಎರಡು ದಿನಕ್ಕೆ ಕೈಬಿಡುತ್ತಾರೆ. ಮರಳಿನಲ್ಲಿ ಪುಡಿ ಹೆಚ್ಚಿದ್ದರೆ ಮುಗಿದೇ ಹೋಯಿತು. ಪ್ಲಾಸ್ಟರ್ ಕಿತ್ತು ಮತ್ತೆ ಮಾಡಿಸಿ.

ಹಳೆ ಅಭಿಯಂತರ · ಫೆಬ್ರುವರಿ 11
ಕೀಳಿಸಬೇಡಿ, ಸ್ವಲ್ಪ ತಡೆಯಿರಿ. ಅಗಲವನ್ನಷ್ಟೇ ಹೇಳಿದ್ದೀರಿ. ಬಿರುಕಿನ ವಿಚಾರದಲ್ಲಿ ಅಗಲ ಕೊನೆಗೆ ನೋಡಬೇಕಾದದ್ದು. ಮನೆ ಕಟ್ಟಿ ಎಷ್ಟು ವರ್ಷ, ಕೆಳಗಿನ ಮಣ್ಣು ಯಾವುದು, ಪಾಯ ಎಷ್ಟು ಆಳ, ಕಾಲಂ ಇವೆಯೋ ಅಥವಾ ಗೋಡೆಯೇ ಭಾರ ಹೊರುತ್ತದೆಯೋ, ಇವೆಲ್ಲ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಪ್ರತಿಯೊಂದು ಬಿರುಕೂ ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತದೆ ಎಂದು ಬರೆಯಿರಿ. ಬೆಟಗೇರಿ ಎಂದರೆ ಗದಗಿನದೇ ತಾನೆ? ಹಾಗಿದ್ದರೆ ಎರೆಮಣ್ಣೇ ಇರಬೇಕು.

ಯಲಹಂಕ ಮೂರನೆ ಮಹಡಿ · ಫೆಬ್ರುವರಿ 12
ನಮ್ಮ ಫ್ಲಾಟ್‌ನಲ್ಲೂ ಇದೇ ಸಮಸ್ಯೆ. ಕಾಲಂ ಪಕ್ಕದಲ್ಲಿ ನೆಲದಿಂದ ಬೀಮ್‌ವರೆಗೆ ಗೆರೆ ಎಳೆದಂತೆ ನೇರ ಬಿರುಕು. ಕಟ್ಟಡ ಬೀಳುವ ಲಕ್ಷಣವೇ ಇದು?

ಹಳೆ ಅಭಿಯಂತರ · ಫೆಬ್ರುವರಿ 12
ಅಲ್ಲ, ನಿಮ್ಮದು ಬೇರೆ. ಕಾಲಂ ಕಾಂಕ್ರೀಟಿನದು, ನಡುವೆ ತುಂಬಿದ ಗೋಡೆ ಸಿಮೆಂಟ್ ಬ್ಲಾಕಿನದು. ಬ್ಲಾಕ್ ಒಣಗುತ್ತಾ ಕುಗ್ಗಿ ಕಾಲಂನಿಂದ ಬಿಡಿಸಿಕೊಳ್ಳುತ್ತದೆ. ಪ್ಲಾಸ್ಟರ್ ಮಾಡುವ ಮೊದಲು ಆ ಸಂದಿಗೆ ಜಾಲರಿ ಹೊಡೆದಿದ್ದರೆ ಬಹುಪಾಲು ತಪ್ಪುತ್ತಿತ್ತು. ಕಾಲಂ ಮೈಮೇಲೆಯೇ ಕಂಬಿಯ ಉದ್ದಕ್ಕೆ ಬಿರುಕು ಬಿಟ್ಟು ತುಕ್ಕಿನ ಕಲೆ ಕಂಡರೆ ಮಾತ್ರ ತಡಮಾಡದೆ ತಜ್ಞರನ್ನು ಕರೆಸಿ.

ಬೆಟಗೇರಿ ಮನೆ · ಫೆಬ್ರುವರಿ 13
ಹೌದು ಸರ್, ಎರೆಮಣ್ಣು. ಅದು ಎಲ್ಲರಿಗೂ ಗೊತ್ತಿರುವ ವಿಷಯ ಎಂದು ಬರೆದಿರಲಿಲ್ಲ. ಮನೆ ಕಟ್ಟಿ ಆರು ವರ್ಷ. ಇಟ್ಟಿಗೆ ಗೋಡೆಯ ಮೇಲೆ ಆರ್‌ಸಿಸಿ ಚಾವಣಿ, ಕಾಲಂ ಇಲ್ಲ. ಕಲ್ಲಿನ ಪಾಯ ನಾಲ್ಕು ಅಡಿ ಆಳ. ಬಿರುಕು ಮೂರು ಬಗೆ ಇವೆ. ಹಾಲ್‌ನ ಗೋಡೆಯ ಮೇಲೆ ಜೇಡರ ಬಲೆಯಂತೆ ಕೂದಲೆಳೆಯ ಗೆರೆಗಳು. ಮಲಗುವ ಕೋಣೆಯಲ್ಲಿ ಚಾವಣಿಯ ಅಡಿಗೆ ಉದ್ದಕ್ಕೂ ಒಂದು ಅಡ್ಡ ಗೆರೆ. ಮೂರನೆಯದು ಆಗ್ನೇಯ ಮೂಲೆಯ ಕೋಣೆಯ ದಕ್ಷಿಣ ಗೋಡೆಯಲ್ಲಿದೆ. ಕಿಟಕಿಯ ಮೇಲ್ಮೂಲೆಯಿಂದ ಹೊರಟು ಮನೆಯ ಮೂಲೆಯ ಕಡೆಗೆ ಓರೆಯಾಗಿ ಏರುತ್ತದೆ. ಕೆಳಗೆ ಸಣ್ಣದು, ಮೇಲೆ ಅಗಲ. ಮತ್ತೆ ಮತ್ತೆ ಬರುತ್ತಿರುವುದು ಇದೇ. ಆ ಮೂಲೆಯ ಆಚೆ ಹದಿನಾರು ಅಡಿ ದೂರದಲ್ಲಿ ದೊಡ್ಡ ಬೇವಿನ ಮರವಿದೆ. ಸಂಪ್ ಕೂಡ ಆ ಕಡೆಯೇ.

ಹಳೆ ಅಭಿಯಂತರ · ಫೆಬ್ರುವರಿ 13
ಈಗ ವಿಷಯ ಬಂತು. ಮೂರಕ್ಕೂ ಮೂರು ಕಾರಣ.

ಹಾಲ್‌ನ ಬಲೆಗೆರೆಗಳ ಬಗ್ಗೆ ಗಾರೆ ಗುತ್ತಿಗೆಯವರು ಹೇಳಿದ್ದು ಸರಿ. ಅದು ಪ್ಲಾಸ್ಟರ್ ಒಣಗುವಾಗ ಕುಗ್ಗಿದ್ದು. ಅಂಥ ಬಿರುಕಿಗೆ ದಿಕ್ಕಿರುವುದಿಲ್ಲ. ಅದು ಪ್ಲಾಸ್ಟರಿನ ದಪ್ಪದಲ್ಲೇ ನಿಲ್ಲುತ್ತದೆ, ಇಟ್ಟಿಗೆಗೆ ಇಳಿಯುವುದಿಲ್ಲ. ಹೆಚ್ಚಿನ ಕುಗ್ಗುವಿಕೆ ಮೊದಲ ವರ್ಷದಲ್ಲೇ ಮುಗಿಯುತ್ತದೆ. ಒಮ್ಮೆ ತುಂಬಿಸಿದರೆ ಸಾಕು.

ಚಾವಣಿಯಡಿಯ ಅಡ್ಡಗೆರೆ ಬಿಸಿಲಿನದು. ಹತ್ತು ಮೀಟರ್ ಉದ್ದದ ಚಾವಣಿ ಇಪ್ಪತ್ತು ಡಿಗ್ರಿ ಕಾಯ್ದರೆ ಸುಮಾರು ಎರಡು ಮಿಲಿಮೀಟರ್ ಬೆಳೆಯುತ್ತದೆ. ಕೆಳಗಿನ ಗೋಡೆ ಅಷ್ಟು ಕಾಯುವುದಿಲ್ಲ, ಬೆಳೆಯುವುದಿಲ್ಲ. ಎರಡೂ ಸೇರುವಲ್ಲಿ ಬಿಡುತ್ತದೆ. ತಾರಸಿಯ ಮೇಲೆ ಬಿಳಿ ಸುಣ್ಣವನ್ನಾದರೂ ಬಳಿಸಿ, ಕಡಿಮೆಯಾಗುತ್ತದೆ.

ಮೂರನೆಯದನ್ನು ಪ್ಲಾಸ್ಟರಿನ ತಲೆಗೆ ಕಟ್ಟಲಾಗದು. ಇಂಥ ಓರೆ ಬಿರುಕು ಏರುತ್ತಾ ಯಾವ ಕಡೆಗೆ ಬಾಗುತ್ತದೆಯೋ ಸಾಮಾನ್ಯವಾಗಿ ಆ ಕಡೆಯ ಪಾಯ ಇಳಿದಿರುತ್ತದೆ. ಮೇಲೆ ಅಗಲವಾಗಿರುವುದರಿಂದ ಮೂಲೆ ಹೊರಕ್ಕೆ ವಾಲುತ್ತಾ ಇಳಿಯುತ್ತಿದೆ ಎಂದಾಗುತ್ತದೆ. ಹೊರಗಡೆ ಅದೇ ಜಾಗದಲ್ಲಿ ಬಿರುಕಿದೆಯೇ ನೋಡಿ. ಬಿರುಕಿನ ಮೇಲೆ ಉಗುರು ಎಳೆಯಿರಿ, ಒಂದು ಬದಿ ಮೆಟ್ಟಿಲಿನಂತೆ ತಗ್ಗಿದೆಯೇ? ಆ ಕೋಣೆಯ ಬಾಗಿಲು ಬೇಸಗೆಯಲ್ಲಿ ಬಿಗಿಯಾಗುತ್ತದೆಯೇ?

ಬೆಟಗೇರಿ ಮನೆ · ಫೆಬ್ರುವರಿ 14
ಹೊರಗೂ ಇದೆ. ಉಗುರಿಗೆ ಸಣ್ಣ ಮೆಟ್ಟಿಲು ಸಿಗುತ್ತದೆ. ಬಾಗಿಲು ಏಪ್ರಿಲ್, ಮೇ ತಿಂಗಳಲ್ಲಿ ಕೂರುವುದಿಲ್ಲ, ಮಳೆಗಾಲದಲ್ಲಿ ಸಲೀಸು. ಮರ ಉಬ್ಬುವುದಾದರೆ ಮಳೆಗಾಲದಲ್ಲಿ ಬಿಗಿಯಾಗಬೇಕಲ್ಲವೇ ಎಂದು ನಮಗೇ ವಿಚಿತ್ರವೆನಿಸಿತ್ತು.

ಗಾರೆ ಗುತ್ತಿಗೆ · ಫೆಬ್ರುವರಿ 14
ಸಂಪ್ ಸೋರುತ್ತಿದೆ. ಬರೆದಿಟ್ಟುಕೊಳ್ಳಿ. ನೀರು ಕುಡಿದ ಮಣ್ಣು ಮೆತ್ತಗಾಗಿ ಮೂಲೆ ಕುಸಿದಿದೆ.

ಹಳೆ ಅಭಿಯಂತರ · ಫೆಬ್ರುವರಿ 14
ಕೆಂಪುಮಣ್ಣಿನಲ್ಲಿ, ಅದರಲ್ಲೂ ತುಂಬಿದ ಮಣ್ಣಿನಲ್ಲಿ ನೀವು ಹೇಳಿದಂತೆ ಆಗುತ್ತದೆ. ಎರೆಮಣ್ಣು ನೀರು ಕುಡಿದರೆ ಮೊದಲು ಉಬ್ಬುತ್ತದೆ. ಸಂಪ್ ಸೋರಿದ್ದರೆ ಮೂಲೆ ಮೇಲೇಳಬೇಕಿತ್ತು, ಬಿರುಕು ಕೆಳಗೆ ಅಗಲವಾಗಬೇಕಿತ್ತು. ಇಲ್ಲಿ ತಿರುಗುಮುರುಗು. ಮಣ್ಣು ಒಣಗಿ ಕುಗ್ಗಿದಾಗ ಮೂಲೆ ಇಳಿಯುತ್ತಿದೆ. ಬಾಗಿಲಿನ ಸಾಕ್ಷಿಯೂ ಅದನ್ನೇ ಹೇಳುತ್ತದೆ. ಆದರೂ ಪರೀಕ್ಷಿಸಿಬಿಡಿ: ಸಂಪ್ ತುಂಬಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿ, ಒಂದು ದಿನ ಮುಟ್ಟದೆ ಮುಚ್ಚಿಡಿ.

ನಾಲ್ಕು ಅಡಿ ಪಾಯ ಇಲ್ಲಿ ಸಾಲದು. ಆಳವಾದ ಎರೆಮಣ್ಣಿನಲ್ಲಿ ಗುಮ್ಮಟದಂತೆ ತಳ ಹಿಗ್ಗಿಸಿದ ಪೈಲ್‌ಗಳನ್ನು ಕನಿಷ್ಠ 3.5 ಮೀಟರ್ ಇಳಿಸಬೇಕೆಂದು ಭಾರತೀಯ ಮಾನಕ 2911 ಹೇಳುವುದು ಇದಕ್ಕಾಗಿಯೇ. ಋತುವಿನ ಹಸಿ ಒಣ ಆಟ ಅಷ್ಟು ಆಳದವರೆಗೂ ನಡೆಯುತ್ತದೆ.

ಈಗ ತಿಳಿಯಬೇಕಾದದ್ದು ಒಂದೇ. ಬಿರುಕು ಬೇಸಗೆಯಲ್ಲಿ ತೆರೆದು ಮಳೆಯಲ್ಲಿ ಮುಚ್ಚುತ್ತದೆಯೋ, ಅಥವಾ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಉಳಿಸಿಕೊಂಡು ಹೋಗುತ್ತದೆಯೋ? ಕಣ್ಣಂದಾಜಿಗೆ ಇದು ಸಿಗದು. ಕ್ರ್ಯಾಕ್ ಗೇಜ್ ಹಾಕಿ.

ಗಾರೆ ಗುತ್ತಿಗೆ · ಫೆಬ್ರುವರಿ 15
ಗೇಜ್ ಎಂದು ದುಡ್ಡು ಏಕೆ ಸುರಿಯಬೇಕು? ಬಿರುಕಿನ ಮೇಲೆ ಗಾಜಿನ ಚೂರು ಅಂಟಿಸಿ. ಒಡೆದರೆ ಗೋಡೆ ಅಲುಗಿದೆ.

ಹಳೆ ಅಭಿಯಂತರ · ಫೆಬ್ರುವರಿ 15
ಒಡೆದ ಗಾಜು ಅಲುಗಿತು ಎಂದಷ್ಟೇ ಹೇಳುತ್ತದೆ. ಎಷ್ಟು, ಯಾವ ಕಡೆ, ಮರಳಿ ಮುಚ್ಚಿತೇ ಎಂಬುದನ್ನು ಹೇಳುವುದಿಲ್ಲ. ಇಲ್ಲಿ ನಮಗೆ ಬೇಕಿರುವುದು ಅದೇ.

ಮೇಡಂ, ಗೇಜ್ ಎಂದರೆ ಒಂದರ ಮೇಲೊಂದು ಜಾರುವ ಎರಡು ಪಾರದರ್ಶಕ ಫಲಕಗಳು. ಒಂದರಲ್ಲಿ ಮಿಲಿಮೀಟರ್ ಚೌಕಗಳು, ಇನ್ನೊಂದರಲ್ಲಿ ಕೂಡುಗೆರೆ. ಬಿರುಕಿನ ಆಚೆಗೊಂದು ಈಚೆಗೊಂದು ಕೂರಿಸಿದರೆ ಅಡ್ಡ ಮತ್ತು ನೇರ ಎರಡೂ ಚಲನೆ ಕಾಣುತ್ತದೆ. ಟೊಳ್ಳು ಸದ್ದು ಮಾಡುವ ಪ್ಲಾಸ್ಟರ್ ಮೇಲೆ ಅಂಟಿಸಬೇಡಿ. ಅಲ್ಲಿ ಪ್ಲಾಸ್ಟರಿನ ಆಟವೇ ದಾಖಲಾಗುತ್ತದೆ. ಗಟ್ಟಿ ಇಟ್ಟಿಗೆಗೆ ಎಪಾಕ್ಸಿಯ ಜೊತೆ ಸ್ಕ್ರೂ ಹಾಕಿಸಿ. ಅಂಟು ಗಟ್ಟಿಯಾಗುವವರೆಗೆ ಫಲಕಗಳನ್ನು ಸೊನ್ನೆಯಲ್ಲಿ ಹಿಡಿದಿಡುವ ಪುಟ್ಟ ಗೂಟಗಳಿದ್ದರೆ ಆಮೇಲೆ ಕತ್ತರಿಸಿ ತೆಗೆಯಿರಿ. ಅವು ಉಳಿದರೆ ಗೇಜ್ ಅಲುಗುವುದೇ ಇಲ್ಲ, "ಏನೂ ಇಲ್ಲ" ಎಂಬ ಸುಳ್ಳು ಸಮಾಧಾನ ಸಿಗುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆಯಿರಿ.

ವರ್ನಿಯರ್ ಪ್ರಿಯ · ಫೆಬ್ರುವರಿ 16
ಫಲಕದ ಗೇಜಿನಲ್ಲಿ ಅರ್ಧ ಮಿಲಿಮೀಟರ್‌ಗಿಂತ ಸೂಕ್ಷ್ಮವಾಗಿ ಓದಲಾಗದು. ನಾನು ಹಿತ್ತಾಳೆಯ ಸ್ಕ್ರೂಗಳನ್ನು ಬಿರುಕಿನ ಎರಡೂ ಬದಿ ನೆಟ್ಟು ಡಿಜಿಟಲ್ ವರ್ನಿಯರ್‌ನಿಂದ ಅಳೆಯುತ್ತೇನೆ. ನನ್ನ ಬಳಿ ಮೂರು ವರ್ನಿಯರ್‌ಗಳಿವೆ, ಬಿರುಕು ನೋಡುವ ಸೂಕ್ಷ್ಮದರ್ಶಕವಿದೆ, ಗೋಡೆಯ ತಾಪ ಓದುವ ಯಂತ್ರವೂ ಇದೆ. ನೆಟ್ಟ ಜಾಗಗಳ ಚಿತ್ರ ಹಾಕಲೇ?

ಯಲಹಂಕ ಮೂರನೆ ಮಹಡಿ · ಫೆಬ್ರುವರಿ 16
ಹಾಕಿ ಸರ್. ಯಾವ ಕಂಪನಿಯ ವರ್ನಿಯರ್ ಒಳ್ಳೆಯದು?

ಬೆಟಗೇರಿ ಮನೆ · ಏಪ್ರಿಲ್ 9
ವರ್ನಿಯರ್ ಚರ್ಚೆಯ ನಡುವೆ ಕೇಳುತ್ತಿದ್ದೇನೆ, ಗಾಬರಿಯಾಗಿದೆ. ಫೆಬ್ರುವರಿ 20ರಂದು ಗೇಜ್ ಹಾಕಿಸಿದೆ. ಮಾರ್ಚ್‌ನಲ್ಲಿ ಅರ್ಧ ಮಿಲಿಮೀಟರ್ ತೆರೆದಿತ್ತು. ನಿನ್ನೆ ಬೆಳಿಗ್ಗೆ ಒಂದು, ಸಂಜೆ ನಾಲ್ಕಕ್ಕೆ ಮತ್ತೆ ಅರ್ಧ. ಒಂದೇ ದಿನದಲ್ಲಿ ಗೋಡೆ ಹೀಗೆ ಓಡಾಡುತ್ತದೆಯೇ? ಸಂಪ್ ಪರೀಕ್ಷೆ ಮಾಡಿದೆವು, ಮಟ್ಟ ಇಳಿಯಲಿಲ್ಲ.

ಹಳೆ ಅಭಿಯಂತರ · ಏಪ್ರಿಲ್ 9
ಓಡಾಡುತ್ತದೆ, ಹೆದರಬೇಡಿ. ದಕ್ಷಿಣದ ಗೋಡೆ ಮಧ್ಯಾಹ್ನ ಕಾಯ್ದು ಹಿಗ್ಗಿ ಬಿರುಕನ್ನು ಒತ್ತುತ್ತದೆ. ಅದಕ್ಕೇ ಪ್ರತಿ ಸಲ ಬಿಸಿಲು ಬೀಳುವ ಮೊದಲು, ಒಂದೇ ಹೊತ್ತಿಗೆ ಓದಬೇಕು. ಪಕ್ಕದಲ್ಲಿ ಆ ಹೊತ್ತಿನ ತಾಪಮಾನವನ್ನೂ, ಆ ವಾರ ಮಳೆ ಬಂತೇ ಎಂಬುದನ್ನೂ ಬರೆಯಿರಿ. ತಿಂಗಳಿಗೆ ಎರಡು ಸಲ ಸಾಕು. ದಿನವೂ ನೋಡಿದರೆ ಬಿಸಿಲಿನ ಆಟವೇ ಕಾಣುತ್ತದೆ, ಪಾಯದ ಆಟ ಕಾಣುವುದಿಲ್ಲ. ಬಿರುಕು ಐದು ಮಿಲಿಮೀಟರ್ ದಾಟಿದರೆ, ಅಥವಾ ವಾರದಿಂದ ವಾರಕ್ಕೆ ಒಂದೇ ದಿಕ್ಕಿನಲ್ಲಿ ಬೆಳೆಯುತ್ತಿದ್ದರೆ, ನಮ್ಮ ಉತ್ತರಕ್ಕೆ ಕಾಯದೆ ಸ್ಥಳಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ.

ಬೆಟಗೇರಿ ಮನೆ · ಅಕ್ಟೋಬರ್ 27
ಎಲ್ಲ ಓದುಗಳೂ ಬೆಳಿಗ್ಗೆ ಏಳಕ್ಕೆ. ಮೇ ಕೊನೆಗೆ ಎರಡು ಮಿಲಿಮೀಟರ್ ತೆರೆದು, ಮೂಲೆಯ ಬದಿ ಒಂದು ಮಿಲಿಮೀಟರ್ ಇಳಿದಿತ್ತು. ಜುಲೈ ನಡುವೆ ಒಂದೂವರೆ. ಸೆಪ್ಟೆಂಬರ್ ಕೊನೆಗೆ ಅರ್ಧ, ಇಳಿತವೂ ಅರ್ಧ. ಈಗಲೂ ಅಲ್ಲಿಯೇ ನಿಂತಿದೆ, ಸೊನ್ನೆಗೆ ಬರಲಿಲ್ಲ. ಪೆನ್ಸಿಲ್ ಗೆರೆ ದಾಟಿ ಬಿರುಕು ಉದ್ದವಾಗಿಲ್ಲ. ಬೇವಿನ ಮರ ಕಡಿಸಿದರೆ ಸರಿಹೋಗುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ.

ಗಾರೆ ಗುತ್ತಿಗೆ · ಅಕ್ಟೋಬರ್ 27
ಕಡಿಸಿ. ಬೇರು ಪಾಯವನ್ನು ಎತ್ತುತ್ತಿದೆ.

ಹಳೆ ಅಭಿಯಂತರ · ಅಕ್ಟೋಬರ್ 28
ಎತ್ತುತ್ತಿಲ್ಲ, ಮೂಲೆ ಇಳಿದಿರುವುದು ಗೇಜಿನಲ್ಲೇ ಇದೆ. ಬೇರು ಮಾಡುತ್ತಿರಬಹುದಾದದ್ದು ಮಣ್ಣಿನ ನೀರು ಹೀರುವುದನ್ನು. ಹದಿನಾರು ಅಡಿ ದೂರ ಮರದ ಎತ್ತರಕ್ಕಿಂತ ಕಡಿಮೆ, ಹಾಗಾಗಿ ಅನುಮಾನ ನ್ಯಾಯವಾದದ್ದೇ. ಆದರೆ ಒಮ್ಮೆಲೇ ಕಡಿಸಿದರೆ ವರ್ಷಗಟ್ಟಲೆ ಒಣಗಿದ್ದ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ. ಅದಕ್ಕೂ ವರ್ಷಗಳೇ ಹಿಡಿಯುತ್ತವೆ. ಆಗ ಇದೇ ಗೋಡೆ ಎದುರು ದಿಕ್ಕಿಗೆ ಬಿಡುತ್ತದೆ. ಕೊಂಬೆ ಇಳಿಸಿ ಎಲೆ ಕಡಿಮೆ ಮಾಡಿಸಿ. ಮನೆಯ ಸುತ್ತ ನಾಲ್ಕೈದು ಅಡಿ ಅಗಲಕ್ಕೆ ಹೊರಗೆ ಇಳಿಜಾರಿನ ಕಾಂಕ್ರೀಟ್ ಹಾಸಿಸಿ, ಗೋಡೆಗೆ ಸೇರುವ ಸಂದಿಯನ್ನು ಮುಚ್ಚಿಸಿ. ಪಾಯದ ಬುಡದ ತೇವ ಏರಿಳಿಯುವುದು ಕಡಿಮೆಯಾಗುತ್ತದೆ.

ಋತುವಿನ ಆಟ ಎಂಬುದು ಖಚಿತ. ಉಳಿದ ಅರ್ಧ ಮಿಲಿಮೀಟರ್ ಬಗ್ಗೆ ಖಚಿತವಾಗಿ ಹೇಳಲಾರೆ. ಬಿರುಕಿನೊಳಗೆ ಉದುರಿದ ಪುಡಿ ಸೇರಿ ಮುಚ್ಚಲು ಬಿಡದಿರಬಹುದು. ನಿಮ್ಮ ಹಳೆಯ ಗಡುಸು ಪುಟ್ಟಿಯೂ ಅದನ್ನೇ ಮಾಡಿರಬಹುದು. ಪಾಯ ನಿಜವಾಗಿ ಅಷ್ಟು ಕೂತಿರಲೂಬಹುದು. ಗೇಜಿನ ಓದುವ ಮಿತಿಯೇ ಅಷ್ಟು. ಬರುವ ಮೇ ಕೊನೆಯ ಓದು ಎರಡರಲ್ಲೇ ನಿಂತರೆ ಒಂದು ಕಥೆ, ಎರಡೂವರೆ ಮೂರಕ್ಕೆ ಹೋದರೆ ಬೇರೆ ಕಥೆ. ಅಲ್ಲಿಯವರೆಗೆ ಆ ಬಿರುಕಿಗೆ ಗಡುಸು ಪುಟ್ಟಿ ತುಂಬಬೇಡಿ. ನೀರು ಇಳಿಯದಂತೆ ಹೊರಗಡೆ ಹಿಗ್ಗುವ ಸೀಲಂಟ್ ಮಾತ್ರ ಹಾಕಿಸಿ.

ವರ್ನಿಯರ್ ಪ್ರಿಯ · ಅಕ್ಟೋಬರ್ 28
ಅದಕ್ಕೇ ಹೇಳಿದ್ದು, ಸ್ಕ್ರೂ ನೆಡಿ ಮೇಡಂ. ಇಂದು ನೆಟ್ಟರೂ ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಪೂರ್ತಿ ಸುತ್ತು ಸಿಗುತ್ತದೆ.

ಗಾರೆ ಗುತ್ತಿಗೆ · ಅಕ್ಟೋಬರ್ 29
ಇನ್ನೊಂದು ವರ್ಷ ಕಾಯುವುದನ್ನು ನಾನು ಒಪ್ಪುವುದಿಲ್ಲ. ಗೋಡೆಗೆ ಕಂಬಿ ಹೊಲಿಸಿ ಮುಗಿಸಿ ಎಂದೇ ಹೇಳುತ್ತೇನೆ.

ಹಳೆ ಅಭಿಯಂತರ · ಅಕ್ಟೋಬರ್ 29
ಚಲಿಸುತ್ತಿರುವ ಬಿರುಕಿಗೆ ಕಂಬಿ ಹೊಲಿದರೆ ಪಕ್ಕದಲ್ಲಿ ಹೊಸದು ಬೀಳುತ್ತದೆ. ಹಾಸು ಹಾಕಿಸಿ, ಮೇ ತಿಂಗಳ ಓದನ್ನು ಇಲ್ಲಿಯೇ ಬರೆಯಿರಿ ಮೇಡಂ.