ರಾಟ್‌ವೀಲರ್ ಮುಂಗಾಲು ಊದಿದೆ, ಎಕ್ಸ್-ರೇನಲ್ಲಿ ಮೂಳೆ ತಿಂದಂತಿದೆ: ಬಯಾಪ್ಸಿ ಮಾಡಿಸಬೇಕಾ?

ಚಿಂತಾಮಣಿ ತೋಟದಮನೆ

ಗಂಡು ರಾಟ್‌ವೀಲರ್, 7 ವರ್ಷ, 42 ಕೆ.ಜಿ. ಎಡ ಮುಂಗಾಲು ಕುಂಟಲು ಶುರುವಾಗಿ ತಿಂಗಳ ಮೇಲಾಯ್ತು. ಉಳುಕು ಇರಬೇಕು ಅಂತ ನೋವಿನ ಇಂಜೆಕ್ಷನ್ ಹಾಕಿಸಿದೆವು. ಎರಡು ಮೂರು ದಿನ ಚೆನ್ನಾಗಿ ಓಡಾಡಿ ಮತ್ತೆ ಕುಂಟಲು ಶುರು ಮಾಡಿತು. ಈಗ ಮಣಿಕಟ್ಟಿಗಿಂತ ಎರಡು ಬೆರಳು ಮೇಲೆ ಗಟ್ಟಿ ಊತ ಇದೆ, ಒತ್ತಿದರೆ ಕಾಲು ಎಳೆದುಕೊಳ್ಳುತ್ತದೆ. ಊಟ ಮಾಡ್ತಾನೆ, ಜ್ವರ ಇಲ್ಲ.

ಎಕ್ಸ್-ರೇನಲ್ಲಿ ಮುಂಗೈ ಮೂಳೆಯ ಕೆಳತುದಿ ಹುಳು ತಿಂದ ಹಾಗೆ ಕಾಣುತ್ತೆ, ಒಂದು ಕಡೆ ಹೊರಗಿನ ಗೆರೆಯೇ ಇಲ್ಲ, ಪಕ್ಕದಲ್ಲಿ ಬಿಳಿ ಮುಳ್ಳುಗಳ ಥರ ಹೊರಗೆ ಚಾಚಿದೆ. ಡಾಕ್ಟ್ರು ಮೂಳೆ ಕ್ಯಾನ್ಸರ್ ಅನುಮಾನ ಅಂದರು, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೋಗಿ ಬಯಾಪ್ಸಿ ಮಾಡಿಸಿ ಅಂದಿದ್ದಾರೆ. ಸೂಜಿ ಹಾಕಿದರೆ ಕ್ಯಾನ್ಸರ್ ಕೆರಳುತ್ತೆ ಅಂತ ಮನೆಯಲ್ಲಿ ಬೇಡ ಅಂತಿದ್ದಾರೆ. ಎಕ್ಸ್-ರೇ ಒಂದೇ ಸಾಲಲ್ವಾ? ಎಷ್ಟು ದಿನ ಉಳೀತಾನೆ?

ಶಿರಾ ಶೆಫರ್ಡ್

ಅಣ್ಣ, ಮೊದಲು ಉಣ್ಣೆ ಜ್ವರಕ್ಕೆ ರಕ್ತ ಪರೀಕ್ಷೆ ಮಾಡಿಸಿ. ನಮ್ಮ ಕಡೆ ಕುಂಟೋ ನಾಯಿಗಳಲ್ಲಿ ಅದೇ ಜಾಸ್ತಿ. ಡಾಕ್ಸಿಸೈಕ್ಲಿನ್ 28 ದಿನ ಕೊಟ್ಟರೆ ಸರಿಹೋಗುತ್ತೆ. ಬಯಾಪ್ಸಿಗೆ ಅವಸರ ಬೇಡ.

ಕೋಲಾರ ಪಶುವೈದ್ಯ

ಶಿರಾದವರು ಹೇಳಿದ ರಕ್ತ ಪರೀಕ್ಷೆ ಬೇಕೇ ಬೇಕು, ಆದರೆ ಕಾರಣ ಬೇರೆ. ಉಣ್ಣೆ ಜ್ವರದಲ್ಲಿ ಕೀಲುಗಳು ಊದಿ ನಾಯಿ ಕುಂಟುತ್ತದೆ, ನಿಜ. ಮೂಳೆಯ ಗೋಡೆ ಕರಗಿ ಮಾಯವಾಗುವುದಿಲ್ಲ. ಆದರೆ ಆ ಸೋಂಕಿದ್ದರೆ ಪ್ಲೇಟ್‌ಲೆಟ್ ಇಳಿದಿರುತ್ತದೆ, ಅದು ಗೊತ್ತಿಲ್ಲದೆ ಮೂಳೆಗೆ ಸೂಜಿ ಹಾಕಿದರೆ ರಕ್ತ ನಿಲ್ಲಿಸುವುದು ಕಷ್ಟ. 28 ದಿನ ಕಾಯುವ ಪ್ರಶ್ನೆಯೇ ಇಲ್ಲ.

ನೀವು ವರ್ಣಿಸಿದ ಚಿತ್ರ ಆಸ್ಟಿಯೋಸಾರ್ಕೋಮಾ ಅನ್ನುವ ಮೂಳೆ ಕ್ಯಾನ್ಸರ್‌ಗೆ ತೀರಾ ಹತ್ತಿರ ಇದೆ. ಮುಂಗಾಲಲ್ಲಿ ಇದು ಮೊಣಕೈಯಿಂದ ದೂರದ ತುದಿಗಳಲ್ಲಿ, ಅಂದರೆ ಭುಜದ ಬಳಿ ಅಥವಾ ಮಣಿಕಟ್ಟಿನ ಮೇಲೆ ಬರುತ್ತದೆ. ಹಿಂಗಾಲಲ್ಲಿ ಹೆಚ್ಚಾಗಿ ಮಂಡಿಯ ಹತ್ತಿರ. ಫಿಲ್ಮ್‌ನಲ್ಲಿ ಇನ್ನೆರಡು ವಿಷಯ ನೋಡಿ. ಹಾಳಾದ ಭಾಗ ಎಲ್ಲಿ ಮುಗಿದು ಚೆನ್ನಾಗಿರುವ ಮೂಳೆ ಎಲ್ಲಿ ಶುರುವಾಗುತ್ತದೆ ಅಂತ ಬೆರಳಿಟ್ಟು ತೋರಿಸಲು ಆಗುತ್ತದಾ? ಗಡಿ ಸಿಗದೆ ಕರಗುತ್ತಾ ಹೋಗಿದ್ದರೆ ಅದು ಕೆಟ್ಟ ಲಕ್ಷಣ. ಎರಡನೆಯದು, ಮಣಿಕಟ್ಟಿನ ಚಿಕ್ಕ ಮೂಳೆಗಳು ಸರಿಯಾಗಿವೆಯಾ? ಈ ಗಡ್ಡೆ ಸಾಮಾನ್ಯವಾಗಿ ಕೀಲು ದಾಟುವುದಿಲ್ಲ. ಕೀಲಿನ ಎರಡೂ ಕಡೆ ಹಾಳಾಗಿದ್ದರೆ ಸೋಂಕನ್ನೋ, ಕೀಲಿನಲ್ಲೇ ಹುಟ್ಟಿದ ಗಡ್ಡೆಯನ್ನೋ ಮೊದಲು ಯೋಚಿಸುತ್ತೇವೆ.

ಇಷ್ಟಾದರೂ ಎಕ್ಸ್-ರೇ ನೋಡಿ ಹೆಸರು ಖಚಿತವಾಗಿ ಹೇಳಲಾಗದು. ಶಿಲೀಂಧ್ರದ ಸೋಂಕು, ಬೇರೆ ಜಾತಿಯ ಮೂಳೆ ಗಡ್ಡೆ ಕೂಡ ಹೀಗೇ ಕಾಣಬಹುದು.

ಮಾಲೂರು ಲ್ಯಾಬ್ರಡಾರ್

ಡಾಕ್ಟ್ರೇ, ನಮ್ಮ ಲ್ಯಾಬ್ ಮರಿಗೆ 8 ತಿಂಗಳು, ಒಂದು ವಾರ ಮುಂಗಾಲು, ಇನ್ನೊಂದು ವಾರ ಹಿಂಗಾಲು ಕುಂಟುತ್ತೆ. ಇದನ್ನು ಓದಿ ಭಯ ಆಯ್ತು. ಇದೂ ಅದೇನಾ?

ಕೋಲಾರ ಪಶುವೈದ್ಯ

ಕುಂಟು ಕಾಲಿಂದ ಕಾಲಿಗೆ ಬದಲಾಗುತ್ತಿದ್ದರೆ, ಆ ವಯಸ್ಸಿಗೆ, ಬೆಳೆಯುವ ಮೂಳೆಯ ಉರಿಯೂತವೇ ಹೆಚ್ಚು. ಬೇರೆ ಚರ್ಚೆ ತೆರೆಯಿರಿ, ಅಲ್ಲಿ ನೋಡೋಣ.

ಬಯಾಪ್ಸಿಗೆ ಬರೋಣ. ಕ್ಯಾನ್ಸರ್ ಕೆರಳುತ್ತದೆ ಅನ್ನುವ ಭಯಕ್ಕೆ ಹುರುಳಿಲ್ಲ. ಪತ್ತೆಯಾಗುವ ಹೊತ್ತಿಗೆ 90%ರಷ್ಟು ನಾಯಿಗಳಲ್ಲಿ ಕಣ್ಣಿಗೆ ಕಾಣದ ಜೀವಕೋಶಗಳು ಆಗಲೇ ಹರಡಿರುತ್ತವೆ. ಸೂಜಿಯಿಂದ ಇರುವ ನಿಜವಾದ ಅಪಾಯ ಮೂಳೆ ಮುರಿಯುವುದು. ಗೋಡೆ ಆಗಲೇ ತೆಳುವಾಗಿದೆ, ಅದಕ್ಕೆ ಇನ್ನೊಂದು ತೂತು ಕೊರೆಯುತ್ತಿದ್ದೇವೆ. ಆದ್ದರಿಂದ ಮೂಳೆಯ ತುಣುಕು ತೆಗೆಯುವ ಜಾಮ್‌ಶಿಡಿ ಸೂಜಿಯನ್ನು ಒಂದು ಕಡೆಯ ಗೋಡೆಯಿಂದ ಮಾತ್ರ ಒಳಗೆ ಬಿಡಬೇಕು, ಆಚೆ ಕಡೆಯ ಗೋಡೆ ದಾಟಬಾರದು.

ತುಣುಕು ಎಲ್ಲಿಂದ ತೆಗೆಯುತ್ತಾರೆ ಎನ್ನುವುದರಲ್ಲಿ ಹೆಚ್ಚು ತಪ್ಪಾಗುತ್ತದೆ. ಬೇರೆ ಗಡ್ಡೆಗಳಲ್ಲಿ ಅಂಚಿನಿಂದ ತೆಗೆಯುವ ರೂಢಿ ಇದೆ. ಇಲ್ಲಿ ಅಂಚಿನಲ್ಲಿ ಸಿಗುವುದು ಗಡ್ಡೆಯ ಕಾಟಕ್ಕೆ ದೇಹ ಕಟ್ಟಿಕೊಂಡ ಹೊಸ ಮೂಳೆ, ಕ್ಯಾನ್ಸರ್ ಅಲ್ಲ. ಹಾಗಾಗಿ ಎರಡೂ ಕೋನದ ಫಿಲ್ಮ್ ಮುಂದಿಟ್ಟುಕೊಂಡು, ಅಳತೆ ಹಿಡಿದು, ಗಾಯದ ನಟ್ಟನಡುವಿಗೇ ಸೂಜಿ ಹೋಗಬೇಕು. ಎರಡು ಮೂರು ತುಣುಕು ತೆಗೆದು ಫಾರ್ಮಲಿನ್‌ಗೆ ಹಾಕುತ್ತಾರೆ. ಸೋಂಕಿನ ಅನುಮಾನವಿದ್ದರೆ ಒಂದು ತುಣುಕನ್ನು ಫಾರ್ಮಲಿನ್‌ಗೆ ಹಾಕದೆ ಕಲ್ಚರ್‌ಗೆ ಕಳಿಸಬೇಕು.

ಸೂಜಿಯನ್ನು ಮುಂದೆ ಶಸ್ತ್ರಚಿಕಿತ್ಸೆ ಮಾಡುವ ಸರ್ಜನ್ ಹಾಕುವುದೇ ಒಳ್ಳೆಯದು, ಇಲ್ಲವೇ ಅವರನ್ನು ಕೇಳಿ ಜಾಗ ಗುರುತಿಸಬೇಕು. ಕಾಲು ಉಳಿಸುವ ಯೋಚನೆ ಇದ್ದರೆ ಸೂಜಿ ಹೋದ ದಾರಿಯನ್ನೂ ಗಡ್ಡೆಯ ಜೊತೆಗೇ ಕತ್ತರಿಸಿ ತೆಗೆಯಬೇಕಾಗುತ್ತದೆ.

ಮೊದಲು ತೆಳು ಸೂಜಿಯಿಂದ ಜೀವಕೋಶ ಎಳೆದು ಗಾಜಿನ ಮೇಲೆ ಹಚ್ಚಿ ನೋಡಿ ಅಂತ ಕೇಳಿ. ಗೋಡೆ ಒಡೆದಿರುವ ಜಾಗದಲ್ಲಿ ಅಲ್ಟ್ರಾಸೌಂಡ್ ಹಿಡಿದು ಮಾಡಿದರೆ ಎಷ್ಟೋ ಸಲ ಅದರಲ್ಲೇ ಉತ್ತರ ಸಿಗುತ್ತದೆ, ಮುರಿಯುವ ಭಯವೂ ಕಡಿಮೆ.

ಗೌರಿಬಿದನೂರು ಡೇನ್

ನಮ್ಮ ಪರಿಚಯದವರ ಗ್ರೇಟ್ ಡೇನ್‌ಗೆ ಬಯಾಪ್ಸಿಯಲ್ಲಿ ‘ರಿಯಾಕ್ಟಿವ್ ಬೋನ್’ ಅಂತ ಬಂತು. ಹಾಗಾದರೆ ಕ್ಯಾನ್ಸರ್ ಇಲ್ಲ ಅಂತ ತಾನೇ?

ಕೋಲಾರ ಪಶುವೈದ್ಯ

ಅಲ್ಲ. ಅದು ನಾನು ಮೇಲೆ ಹೇಳಿದ, ಅಂಚಿನಲ್ಲಿ ದೇಹ ಕಟ್ಟಿಕೊಂಡ ಹೊಸ ಮೂಳೆ. ಎಕ್ಸ್-ರೇ ಒಂದು ಹೇಳಿ ರಿಪೋರ್ಟ್ ಇನ್ನೊಂದು ಹೇಳಿದರೆ, ಸೂಜಿ ಗಡ್ಡೆಯ ನಡುವನ್ನು ಮುಟ್ಟಿಲ್ಲ ಅಂತಲೇ ಮೊದಲು ತಿಳಿಯಬೇಕು. ಮತ್ತೆ ತುಣುಕು ತೆಗೆಸಲಿ. ಅದು ಬೇಡ ಅಂದರೆ ಎರಡು ಮೂರು ವಾರ ಬಿಟ್ಟು ಅದೇ ಕೋನದಲ್ಲಿ ಎಕ್ಸ್-ರೇ ತೆಗೆಸಲಿ. ಕ್ಯಾನ್ಸರ್ ಆಗಿದ್ದರೆ ಅಷ್ಟರಲ್ಲೇ ಬದಲಾವಣೆ ಕಾಣುತ್ತದೆ.

ಚಿಂತಾಮಣಿ ತೋಟದಮನೆ

ಥ್ಯಾಂಕ್ಸ್ ಡಾಕ್ಟ್ರೇ. ಕಾಲು ತೆಗೆಯೋದೇ ಆದರೆ ಬಯಾಪ್ಸಿ ಬಿಟ್ಟು ನೇರ ಆಪರೇಷನ್‌ಗೆ ಹೋಗಬಹುದಾ? ಅದಾದ ಮೇಲೆ ಎಷ್ಟು ದಿನ?

ಕೋಲಾರ ಪಶುವೈದ್ಯ

ಹೋಗಬಹುದು. ಮೂಳೆ ಇಷ್ಟು ಹಾಳಾಗಿ, ನೋವು ಔಷಧಿಗೂ ಜಗ್ಗದಿದ್ದರೆ ಕಾರಣ ಏನೇ ಇರಲಿ ಆ ಕಾಲು ಉಳಿಯುವುದು ಕಷ್ಟ. ಆಗ ತೆಗೆದ ಕಾಲನ್ನೇ ಲ್ಯಾಬಿಗೆ ಕಳಿಸುತ್ತಾರೆ. ನಾನಾದರೆ ತೆಳು ಸೂಜಿ ಪರೀಕ್ಷೆಯನ್ನಾದರೂ ಮಾಡಿಸಿಯೇ ಕಾಲು ತೆಗೆಸುತ್ತೇನೆ.

ಅದಕ್ಕೂ ಮುಂಚೆ ಎದೆಯ ಎಕ್ಸ್-ರೇ ಮೂರು ಕೋನದಲ್ಲಿ ಆಗಲಿ: ಎಡ ಮಗ್ಗುಲು, ಬಲ ಮಗ್ಗುಲು, ಅಂಗಾತ. ಅರಿವಳಿಕೆ ಕೊಡುವ ಮುಂಚೆಯೇ ತೆಗೆಸಿ. ಮತ್ತಿನಲ್ಲಿ ಒಂದೇ ಮಗ್ಗುಲಲ್ಲಿ ಮಲಗಿದ್ದರೆ ಕೆಳಗಿನ ಶ್ವಾಸಕೋಶ ಕುಗ್ಗಿ ಗಂಟುಗಳು ಮರೆಯಾಗುತ್ತವೆ. ಎದೆ ಚೊಕ್ಕಟವಾಗಿ ಕಂಡರೂ ಹರಡಿಲ್ಲ ಅಂತಲ್ಲ, ಅರ್ಧ ಸೆಂ.ಮೀ.ಗಿಂತ ಚಿಕ್ಕದು ಸಾಮಾನ್ಯವಾಗಿ ಕಾಣುವುದಿಲ್ಲ.

ಕಾಲು ಮಾತ್ರ ತೆಗೆದರೆ ಅರ್ಧದಷ್ಟು ನಾಯಿಗಳು 4ರಿಂದ 5 ತಿಂಗಳು ದಾಟುತ್ತವೆ. ನೋವು ಹೋಗುತ್ತದೆ, ಆಯಸ್ಸು ಹೆಚ್ಚು ಬೆಳೆಯುವುದಿಲ್ಲ. ಕೀಮೋ ಸೇರಿಸಿದರೆ ಅದು 10ರಿಂದ 12 ತಿಂಗಳಿಗೆ ಹೋಗುತ್ತದೆ, ಎರಡು ವರ್ಷ ದಾಟುವವು ಸುಮಾರು ಐದರಲ್ಲಿ ಒಂದು. ಕಾರ್ಬೋಪ್ಲಾಟಿನ್ ಮೂರು ವಾರಕ್ಕೊಮ್ಮೆ, 4ರಿಂದ 6 ಸಲ. ನಿಮ್ಮ ನಾಯಿಯ ತೂಕಕ್ಕೆ ಮೈ ವಿಸ್ತೀರ್ಣ ಸುಮಾರು 1.2 ಚದರ ಮೀಟರ್, ಚದರ ಮೀಟರ್‌ಗೆ 300 ಮಿ.ಗ್ರಾಂ. ಲೆಕ್ಕದಲ್ಲಿ ಸಲಕ್ಕೆ 360 ಮಿ.ಗ್ರಾಂ. ಆಸುಪಾಸು. ಪ್ರತಿ ಸಲ ಬಿಳಿ ರಕ್ತಕಣ ಎಣಿಸಿಯೇ ಕೊಡಬೇಕು. ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಏರಿದ್ದರೆ ಈ ಅವಧಿಗಳೆಲ್ಲ ಕಮ್ಮಿಯಾಗುತ್ತವೆ, ರಿಪೋರ್ಟ್‌ನಲ್ಲಿ ಅದನ್ನು ಮೊದಲು ನೋಡಿ.

ಶಸ್ತ್ರಚಿಕಿತ್ಸೆ ಬೇಡ, ನೋವಿಗೆ ಮಾತ್ರ ಔಷಧಿ ಅಂದರೆ ಹೆಚ್ಚಾಗಿ 1ರಿಂದ 3 ತಿಂಗಳು.

ಒಂದು ಕೇಳಬೇಕು: ಉಳಿದ ಮೂರು ಕಾಲು, ಸೊಂಟ ಹೇಗಿವೆ? ರಾಟ್‌ವೀಲರ್‌ಗಳಲ್ಲಿ ಸೊಂಟದ ಕೀಲು ಕೆಟ್ಟಿರುವುದು ಉಂಟು. ಸೊಂಟದ ಎಕ್ಸ್-ರೇ ನೋಡದೆ ಕಾಲು ತೆಗೆಸಿ ಅಂತ ಹೇಳಲಾರೆ.

ಚಿಂತಾಮಣಿ ತೋಟದಮನೆ

ಏಳುವಾಗ ಹಿಂದುಗಡೆ ಸ್ವಲ್ಪ ಒದ್ದಾಡ್ತಾನೆ ಡಾಕ್ಟ್ರೇ. ವಯಸ್ಸು ಅಂದುಕೊಂಡಿದ್ವಿ. ಸೊಂಟದ್ದೂ ತೆಗೆಸ್ತೀವಿ. ಅಲ್ಲಿವರೆಗೆ ನೋವಿಗೆ ಮನೆಯಲ್ಲಿರೋ ಡೈಕ್ಲೋಫೆನಾಕ್ ಕೊಡಬಹುದಾ?

ಕೋಲಾರ ಪಶುವೈದ್ಯ

ಖಂಡಿತ ಬೇಡ, ನಾಯಿಗೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುತ್ತದೆ, ಮೂತ್ರಪಿಂಡವೂ ಕೆಡುತ್ತದೆ. ಮೆಲೊಕ್ಸಿಕ್ಯಾಮ್ ಕೆ.ಜಿ.ಗೆ 0.1 ಮಿ.ಗ್ರಾಂ., ದಿನಕ್ಕೊಮ್ಮೆ, ಊಟದ ಜೊತೆ. ಆದರೆ ಕ್ರಿಯಾಟಿನಿನ್ ನೋಡಿಸಿ, ನಿಮ್ಮ ಡಾಕ್ಟ್ರ ಕೈಯಲ್ಲೇ ಬರೆಸಿ. ಮೊದಲು ಹಾಕಿದ ಇಂಜೆಕ್ಷನ್ ಸ್ಟಿರಾಯ್ಡಾ ಅಂತ ಕೇಳಿ. ಆಗಿದ್ದರೆ ಎರಡೂ ಒಟ್ಟಿಗೆ ಬೀಳಬಾರದು. ಹೆಬ್ಬಾಳಕ್ಕೆ ಕರೆದೊಯ್ಯುವಾಗ ಜೀಪಿನಿಂದ ಹಾರಲು ಬಿಡಬೇಡಿ, ಎತ್ತಿ ಇಳಿಸಿ. ಇದ್ದಕ್ಕಿದ್ದಂತೆ ಕಿರುಚಿ ಕಾಲು ನೆಲಕ್ಕೇ ಊರದಿದ್ದರೆ ಮೂಳೆ ಮುರಿದಿದೆ ಅಂತಲೇ ತಿಳಿದು ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.