ಬೀಟ್‌ರೂಟ್ ಪಲ್ಯದ ಮಣ್ಣಿನ ವಾಸನೆ ಮತ್ತು ಬಣ್ಣ ಬಿಡುವಿಕೆ: ಪ್ರಶ್ನೋತ್ತರ

ಪ್ರಶ್ನೆ (ಗೃಹಿಣಿ, ದಾವಣಗೆರೆ): ನಮ್ಮ ಮನೆಯಲ್ಲಿ ಬೀಟ್‌ರೂಟ್ ಪಲ್ಯ ಮಾಡಿದರೆ ಮಕ್ಕಳು ಮಣ್ಣು ತಿಂದಂತಿದೆ ಎಂದು ತಟ್ಟೆಯಲ್ಲೇ ಬಿಡುತ್ತಾರೆ. ಎಷ್ಟು ಉಜ್ಜಿ ತೊಳೆದರೂ ಆ ವಾಸನೆ ಹೋಗುವುದಿಲ್ಲ. ಆಲೂಗಡ್ಡೆ, ಕ್ಯಾರೆಟ್, ಬೀನ್ಸ್ ಜೊತೆ ಸೇರಿಸಿ ಮಾಡಿದರೆ ಎಲ್ಲವೂ ಒಂದೇ ಕೆಂಪು ಆಗುತ್ತದೆ, ಬೀಟ್‌ರೂಟ್ ಮಾತ್ರ ಕಂದಿ ಕಂದು ಬಣ್ಣಕ್ಕೆ ತಿರುಗುತ್ತದೆ. ಹೆಚ್ಚಿ, ನೀರು ಹಾಕಿ ಕುಕ್ಕರಿನಲ್ಲಿ ಬೇಯಿಸುತ್ತೇನೆ. ಎಲ್ಲಿ ತಪ್ಪುತ್ತಿದೆ?

ಉತ್ತರ (ಅಡುಗೆ ಗುತ್ತಿಗೆದಾರರು, ಮೈಸೂರು):

ಮೇಡಂ, ಆ ವಾಸನೆ ಗಡ್ಡೆಗೆ ಮೆತ್ತಿಕೊಂಡ ಮಣ್ಣಿನದಲ್ಲ, ಆದ್ದರಿಂದಲೇ ಅದು ತೊಳೆದರೆ ಹೋಗುವುದಿಲ್ಲ. ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವೇ ಬೀಟ್‌ರೂಟಿನೊಳಗೂ ಇದೆ. ಅದು ಸಿಪ್ಪೆಯಲ್ಲಿ ಹೆಚ್ಚು, ತಿರುಳಿನಲ್ಲಿ ಕಡಿಮೆ. ನಮ್ಮ ಮೂಗು ಅದನ್ನು ಅತ್ಯಲ್ಪ ಪ್ರಮಾಣದಲ್ಲೂ ಹಿಡಿದುಬಿಡುತ್ತದೆ, ಹಾಗಾಗಿ ಸ್ವಲ್ಪ ಕಡಿಮೆ ಮಾಡಿದರೆ ಸಾಲದು, ಸಾಕಷ್ಟು ಕಡಿಮೆ ಮಾಡಬೇಕಾಗುತ್ತದೆ. ಅದನ್ನು ಹತ್ತಿಕ್ಕುವುದಕ್ಕೆ ನಮ್ಮ ಕೈಯಲ್ಲಿರುವ ಮುಖ್ಯ ಅಸ್ತ್ರ ಹುಳಿ. ಹುಳಿ ತಾಗಿದಾಗ ಜಿಯೋಸ್ಮಿನ್ ಒಡೆದು ವಾಸನೆಯಿಲ್ಲದ ಇನ್ನೊಂದು ವಸ್ತುವಾಗುತ್ತದೆ. ಆದರೆ ಬಡಿಸುವ ಹೊತ್ತಿಗೆ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಪ್ರಯೋಜನವಾಗದು. ಹೆಚ್ಚಿದ ಹೋಳುಗಳ ಮೈಗೆ ರಸ ಹಿಡಿದು ಸ್ವಲ್ಪ ಹೊತ್ತು ನಿಲ್ಲಬೇಕು.

ಬಣ್ಣದ ವಿಷಯ ಬೇರೆ, ಅದರಲ್ಲಿಯೂ ಎರಡು ಸಮಸ್ಯೆಗಳು ಒಟ್ಟಿಗೆ ಕೂಡಿಕೊಂಡಿವೆ. ಒಂದು, ಬಣ್ಣ ಹೊರಕ್ಕೆ ಸೋರುವುದು. ಎರಡು, ಒಳಗೆ ಉಳಿದ ಬಣ್ಣ ಕಂದುವುದು. ಬೀಟ್‌ರೂಟಿನ ಬಣ್ಣ ನೀರಿನಲ್ಲಿ ಸಲೀಸಾಗಿ ಕರಗುವಂಥದ್ದು. ಹಸಿ ಗಡ್ಡೆಯಲ್ಲಿ ಅದು ಕಣ್ಣಿಗೆ ಕಾಣದ ಸಣ್ಣ ಸಣ್ಣ ಚೀಲಗಳಲ್ಲಿ ಭದ್ರವಾಗಿರುತ್ತದೆ, ಬಿಸಿ ಏರಿದಾಗ ಆ ಚೀಲಗಳು ಒಡೆಯುತ್ತವೆ. ನೀವು ಮೊದಲೇ ಹೆಚ್ಚಿ ನೀರಿಗೆ ಹಾಕಿದ್ದರಿಂದ ಬಣ್ಣಕ್ಕೆ ಹೊರಬರಲು ಎಲ್ಲ ಬಾಗಿಲುಗಳೂ ತೆರೆದಿದ್ದವು. ಸಿಪ್ಪೆ ಸಹಿತ ಇಡಿಯಾಗಿ ಬೇಯಿಸಿದರೆ ಒಳಗೆ ಚೀಲಗಳು ಒಡೆದರೂ ಸಿಪ್ಪೆಯೇ ಬಣ್ಣವನ್ನು ತಡೆದು ನಿಲ್ಲಿಸುತ್ತದೆ.

ಅರ್ಧ ಕೆಜಿಯ ಲೆಕ್ಕದಲ್ಲಿ ಹೇಳುತ್ತೇನೆ. ಮುಷ್ಟಿಗಿಂತ ಚಿಕ್ಕದಾದ, ಒಂದೇ ಗಾತ್ರದ 4 ಗಡ್ಡೆಗಳನ್ನು ಆರಿಸಿಕೊಳ್ಳಿ. ಸೊಪ್ಪಿನ ದಂಟನ್ನು ಬುಡದಿಂದ ಎರಡು ಬೆರಳಗಲ ಉಳಿಸಿ ಕತ್ತರಿಸಿ, ಕೆಳಗಿನ ಬಾಲದಂಥ ಬೇರನ್ನು ಮುಟ್ಟಲೇಬೇಡಿ. ಅನೇಕರು ಅಂದವಾಗಿ ಕಾಣಲೆಂದು ಎರಡೂ ತುದಿಗಳನ್ನು ಸಮನಾಗಿ ಕತ್ತರಿಸುತ್ತಾರೆ, ಸೋರುವುದು ಆ ಎರಡು ಗಾಯಗಳಿಂದಲೇ. ತೊಳೆಯುವಾಗ ಕೈಯಿಂದ ಉಜ್ಜಿದರೆ ಸಾಕು, ತಂತಿಬ್ರಷ್ ಬೇಡ. ಕುಕ್ಕರಿನ ತಳಕ್ಕೆ ಒಂದೂವರೆ ಲೋಟ ನೀರು ಹಾಕಿ, ಒಳಗಿನ ಪಾತ್ರೆಯಲ್ಲಿ ನೀರಿಲ್ಲದೆ ಗಡ್ಡೆಗಳನ್ನಷ್ಟೇ ಇಟ್ಟು, ಮಧ್ಯಮ ಉರಿಯಲ್ಲಿ 4 ವಿಷಲ್ ಆದ ಮೇಲೆ ಉರಿ ಆರಿಸಿ, ಒತ್ತಡ ತಾನಾಗಿ ಇಳಿಯಲು ಬಿಡಿ. ತೂಕವನ್ನು ಎತ್ತಿ ಒತ್ತಡವನ್ನು ಒಮ್ಮೆಲೇ ಬಿಟ್ಟರೆ ಸಿಪ್ಪೆ ಬಿರಿಯುವುದುಂಟು.

ಮುಚ್ಚಳ ತೆಗೆದಾಗ ಒಳಪಾತ್ರೆಯಲ್ಲಿ ನಿಂತ ನೀರನ್ನು ನೋಡಿ. ತಿಳಿ ಗುಲಾಬಿ ಬಣ್ಣವಿದ್ದರೆ ಕೆಲಸ ಸರಿಯಾಗಿದೆ ಎಂದರ್ಥ. ದಾಳಿಂಬೆ ರಸದಂತೆ ಕೆಂಪಾಗಿದ್ದರೆ ಯಾವುದೋ ಗಡ್ಡೆಯ ಸಿಪ್ಪೆ ಒಡೆದಿದೆ. ಬೆಂದಿದೆಯೇ ಎಂದು ಎಲ್ಲವನ್ನೂ ಚಾಕುವಿನಿಂದ ಚುಚ್ಚಬೇಡಿ, ಎಲ್ಲಕ್ಕಿಂತ ದೊಡ್ಡ ಗಡ್ಡೆಯೊಂದನ್ನು ಮಾತ್ರ ಪರೀಕ್ಷಿಸಿ. ಪೂರ್ತಿ ತಣಿದ ಮೇಲೆ ಹೆಬ್ಬೆರಳಿನಿಂದ ಒತ್ತಿ ಜಾರಿಸಿದರೆ ಸಿಪ್ಪೆ ಬಿಟ್ಟುಕೊಳ್ಳುತ್ತದೆ. ವಾಸನೆಯ ದೂರು ಇರುವ ಮನೆಗಳಿಗೆ ನಾನು ಇಲ್ಲಿ ನಿಲ್ಲಿಸುವುದಿಲ್ಲ, ಸಿಪ್ಪೆಯ ಕೆಳಗಿನ ತೆಳುವಾದ ಪದರವನ್ನೂ ಚಾಕುವಿನಿಂದ ಹೆರೆದು ತೆಗೆಯುತ್ತೇನೆ. ಸ್ವಲ್ಪ ತರಕಾರಿ ನಷ್ಟವಾಗುತ್ತದೆ, ಆದರೆ ತಟ್ಟೆಯಲ್ಲಿ ಉಳಿಯುವ ಪಲ್ಯಕ್ಕಿಂತ ಅದು ಕಡಿಮೆ ನಷ್ಟ.

ಆಮೇಲೆ ಹೋಳು ಮಾಡಿ, 2 ಚಹಾ ಚಮಚ ನಿಂಬೆರಸ ಕಲೆಸಿ ಹತ್ತು ಹದಿನೈದು ನಿಮಿಷ ಬಿಡಿ. ಹೋಳಿನಿಂದ ಜಿನುಗಿ ಕೆಳಗೆ ನಿಂತ ರಸವನ್ನು ಬಸಿದು, ಸಾಸಿವೆ, ಉದ್ದಿನಬೇಳೆ, ಒಣಮೆಣಸು, ಇಂಗು, ಕರಿಬೇವಿನ ಒಗ್ಗರಣೆಗೆ ಹಾಕಿ, ಮುಚ್ಚಳ ಮುಚ್ಚದೆ ಮೂರು ನಾಲ್ಕು ನಿಮಿಷ ಮಾತ್ರ ಬಾಡಿಸಿ. ಗಡ್ಡೆ ಆಗಲೇ ಬೆಂದಿದೆ, ಇನ್ನೂ ಬೇಯಿಸಿದರೆ ಬಣ್ಣ ಕಂದುವುದಷ್ಟೇ ಲಾಭ. ಉಪ್ಪನ್ನು ಕೊನೆಗೆ ಹಾಕಿ, ತೆಂಗಿನತುರಿಯನ್ನು ಉರಿ ಆರಿಸಿದ ಮೇಲೆ ಸೇರಿಸಿ.

ಮಿಶ್ರ ಪಲ್ಯಕ್ಕೆ ಉಳಿದ ತರಕಾರಿಗಳನ್ನು ಬೇರೆ ಬೇಯಿಸಿ ಬೇರೆಯೇ ಒಗ್ಗರಣೆ ಹಾಕಿರಬೇಕು. ಬೀಟ್‌ರೂಟ್ ಹೋಳುಗಳಿಗೆ ಮೊದಲು ಒಂದು ಚಮಚ ಎಣ್ಣೆ ಸವರಿ, ಒಲೆಯಿಂದ ಇಳಿಸಿದ ಬಾಣಲೆಗೆ ಕೊನೆಯಲ್ಲಿ ಹಾಕಿ, ಸೌಟಿನಿಂದ ಕಲಕದೆ ಬಾಣಲೆಯನ್ನೇ ಎರಡು ಸಲ ಕುಲುಕಿಸಿ. ಎಣ್ಣೆಯಲ್ಲಿ ಆ ಬಣ್ಣ ಕರಗುವುದಿಲ್ಲವಾದ್ದರಿಂದ ಸೋರುವಿಕೆ ನಿಧಾನವಾಗುತ್ತದೆ. ನಿಧಾನ ಎಂದೆ, ನಿಲ್ಲುತ್ತದೆ ಎನ್ನಲಿಲ್ಲ. ಬೆಳಿಗ್ಗೆ ಕಲೆಸಿಟ್ಟ ಪಲ್ಯದಲ್ಲಿ ಮಧ್ಯಾಹ್ನಕ್ಕೆ ಆಲೂಗಡ್ಡೆ ಕೆಂಪಾಗಿಯೇ ಇರುತ್ತದೆ.

ಓದುಗರು, ಶಿವಮೊಗ್ಗ: ಇಷ್ಟೆಲ್ಲ ರಗಳೆ ಬೇಕಾಗಿಲ್ಲ. ಹೆಚ್ಚಿದ ಹೋಳುಗಳನ್ನು ಅರ್ಧ ಗಂಟೆ ಉಪ್ಪುನೀರಿನಲ್ಲಿ ನೆನೆಸಿ, ಬೇಯಿಸುವ ನೀರಿಗೆ ನಿಂಬೆರಸ ಹಾಕಿದರೆ ವಾಸನೆಯೂ ಹೋಗುತ್ತದೆ, ಬಣ್ಣವೂ ಬಿಡುವುದಿಲ್ಲ. ನಮ್ಮಲ್ಲಿ ಎಂದಿನಿಂದಲೂ ಹೀಗೆಯೇ ಮಾಡುವುದು.

ಅಡುಗೆ ಗುತ್ತಿಗೆದಾರರು: ಸರ್, ವಾಸನೆ ಕಡಿಮೆಯಾಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಆ ಉಪ್ಪುನೀರನ್ನು ಚೆಲ್ಲುವ ಮೊದಲು ಅದರ ಬಣ್ಣವನ್ನೊಮ್ಮೆ ನೋಡಿ, ಕೆಂಪೂ ಸಿಹಿಯೂ ಅದರೊಂದಿಗೇ ಹೋಗಿರುತ್ತವೆ. ಇನ್ನು ನಿಂಬೆರಸ ಬಣ್ಣ ಸೋರುವುದನ್ನು ತಡೆಯುವುದಿಲ್ಲ. ಅದು ಕೆಂಪನ್ನು ಕೆಂಪಾಗಿಯೇ ಇರಿಸುತ್ತದೆ, ಅಷ್ಟೇ. ಹೋಳು ಹೊಳೆಯುತ್ತಿರುವುದರಿಂದ ಬಣ್ಣ ಬಿಟ್ಟಿಲ್ಲವೆಂದು ನಮಗೆ ತೋರುತ್ತದೆ, ನೀರು ಮಾತ್ರ ಕೆಂಪಾಗಿರುತ್ತದೆ. ಬೇಯುವಾಗ ಹುಳಿ ಹೆಚ್ಚಾದರೆ ಹೋಳು ಮೆತ್ತಗಾಗಲು ತಡವಾಗುತ್ತದೆ ಎಂಬುದೂ ನೆನಪಿರಲಿ.

ಪ್ರಶ್ನೆ ಕೇಳಿದವರು: ನಮ್ಮ ಅತ್ತೆಯವರು ಬೇಗ ಬೇಯಲೆಂದು ಚಿಟಿಕೆ ಅಡುಗೆ ಸೋಡಾ ಹಾಕಿಸುತ್ತಾರೆ. ಕಂದು ಬಣ್ಣಕ್ಕೆ ಅದು ಕಾರಣವಿರಬಹುದೇ? ನಮ್ಮದು ಬೋರ್‌ವೆಲ್ ನೀರು, ಪಾತ್ರೆಗಳಲ್ಲಿ ಬಿಳಿ ಪದರ ಕಟ್ಟುತ್ತದೆ.

ಆಹಾರ ವಿಜ್ಞಾನ ಉಪನ್ಯಾಸಕರು, ಧಾರವಾಡ: ಎರಡೂ ಕಾರಣಗಳೇ. ಈ ಬಣ್ಣಕ್ಕೆ ಲಘುವಾದ ಹುಳಿ ಹಿತ, ಕ್ಷಾರ ಅಹಿತ. ಸೋಡಾ ಬಿದ್ದಾಗ ಅದು ಒಡೆದು ಹಳದಿ ಮಿಶ್ರಿತ ಕಂದಾಗುತ್ತದೆ. ಬಿಳಿ ಪದರ ಕಟ್ಟುವ ಗಡಸು ನೀರನ್ನು ಕುದಿಸಿದಾಗ ಅದು ಇನ್ನಷ್ಟು ಕ್ಷಾರವಾಗುವುದರಿಂದ, ಸೋಡಾ ಹಾಕದಿದ್ದರೂ ಸ್ವಲ್ಪ ಮಟ್ಟಿಗೆ ಅದೇ ಪರಿಣಾಮ ಕಾಣಿಸುತ್ತದೆ. ಹೆಚ್ಚು ಹೊತ್ತಿನ ಬಿಸಿಯೂ, ಕಬ್ಬಿಣದ ಬಾಣಲೆಯೂ ಈ ಬಣ್ಣಕ್ಕೆ ಶತ್ರುಗಳು. ತುಸು ಕಂದಿದ ಪಲ್ಯವನ್ನು ಕೂಡಲೇ ಇಳಿಸಿ, ತಣಿಸಿ, ನಿಂಬೆರಸ ಬೆರೆಸಿದರೆ ಕೆಂಪು ಭಾಗಶಃ ಮರಳುವುದುಂಟು. ಪೂರ್ತಿ ಕಂದಾದದ್ದು ಮರಳುವುದಿಲ್ಲ.

ವಾಸನೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಜಿಯೋಸ್ಮಿನ್ ಮಣ್ಣಿನ ಸೂಕ್ಷ್ಮಜೀವಿಗಳಿಂದಲೇ ಗಡ್ಡೆಗೆ ಬರುತ್ತದೆ ಎಂದು ಬಹಳ ಕಾಲ ತಿಳಿಯಲಾಗಿತ್ತು. ಸೂಕ್ಷ್ಮಜೀವಿಗಳಿಲ್ಲದ ವಾತಾವರಣದಲ್ಲಿ ಬೆಳೆಸಿದ ಬೀಟ್‌ರೂಟಿನಲ್ಲೂ ಅದು ಕಂಡುಬಂದ ಮೇಲೆ, ಗಿಡವೇ ಅದನ್ನು ತಯಾರಿಸುತ್ತದೆ ಎಂಬ ಅಭಿಪ್ರಾಯ ಗಟ್ಟಿಯಾಗಿದೆ. ತಳಿಯಿಂದ ತಳಿಗೆ ಅದರ ಪ್ರಮಾಣ ಬದಲಾಗುತ್ತದೆ. ಆದ್ದರಿಂದ ಒಂದೇ ವಿಧಾನದಲ್ಲಿ ಮಾಡಿದರೂ ಒಂದು ವಾರದ ಪಲ್ಯ ಮಣ್ಣಿನಂತಿದ್ದು, ಮುಂದಿನ ವಾರದ್ದು ಚೆನ್ನಾಗಿದ್ದರೆ ಅಚ್ಚರಿಪಡಬೇಕಾಗಿಲ್ಲ.

ಓದುಗರು, ಬೆಳಗಾವಿ: ಬೀಟ್‌ರೂಟ್ ಬಣ್ಣ ಬಿಡುವ ತೊಂದರೆ ನನಗೂ ಇದೆ. ಅಡುಗೆಮನೆಯ ಬಿಳಿ ಕಲ್ಲಿನ ಕಟ್ಟೆಯ ಮೇಲೆ ಹೆಚ್ಚಿದ್ದರಿಂದ ಕಲೆಯಾಗಿದೆ. ನಿಂಬೆಹಣ್ಣು ಉಜ್ಜಿದರೆ ಹೋಗುವುದೇ?

ಅಡುಗೆ ಗುತ್ತಿಗೆದಾರರು: ಇಲ್ಲಿನ ಪ್ರಶ್ನೆ ಅಡುಗೆಯೊಳಗಿನ ಬಣ್ಣದ್ದು, ಆದರೂ ಹೇಳುತ್ತೇನೆ. ಅದು ಅಮೃತಶಿಲೆಯಾಗಿದ್ದರೆ ನಿಂಬೆಹಣ್ಣನ್ನು ಮುಟ್ಟಿಸಬೇಡಿ, ಹುಳಿ ಆ ಕಲ್ಲಿನ ಹೊಳಪನ್ನೇ ತಿನ್ನುತ್ತದೆ. ನಿಮ್ಮದು ಯಾವ ಕಲ್ಲೆಂದು ತಿಳಿಯದೆ ಹೆಚ್ಚಿನದನ್ನು ಹೇಳಲಾರೆ.

ಓದುಗರು, ಉಡುಪಿ: ಮೊಸರು ಬಜ್ಜಿಗೆ ಏನು ಮಾಡುವುದು? ಕಲೆಸಿದ ಕ್ಷಣದಲ್ಲೇ ಗುಲಾಬಿಯಾಗುತ್ತದೆ. ಇನ್ನೊಂದು ವಿಷಯವೇನೆಂದರೆ, ಹಸಿ ಹೋಳುಗಳನ್ನು ಹುಳಿ ಮಜ್ಜಿಗೆಯಲ್ಲಿ ನೆನೆಸಿದರೆ ವಾಸನೆ ಹೋಗುತ್ತದೆ ಎಂದು ನಮ್ಮ ದೊಡ್ಡಮ್ಮ ಹೇಳುತ್ತಿದ್ದರು.

ಅಡುಗೆ ಗುತ್ತಿಗೆದಾರರು: ಮೊಸರಿನಲ್ಲಿ ಗುಲಾಬಿಯಾಗುವುದನ್ನು ತಪ್ಪಿಸಲಾಗದು, ಏಕೆಂದರೆ ಮೊಸರಿನ ಬಹುಭಾಗ ನೀರೇ. ಬೆಂದ ಗಡ್ಡೆಯನ್ನು ತುರಿಯದೆ ದಪ್ಪ ಹೋಳು ಮಾಡಿ, ಫ್ರಿಜ್ಜಿನಲ್ಲಿ ತಣಿಸಿ, ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಗಟ್ಟಿ ಮೊಸರಿನ ಮೇಲೆ ಬಡಿಸುವಾಗಲೇ ಇಡಬಹುದು. ಉಪ್ಪು ಹೋಳಿನ ನೀರನ್ನು ಹೊರಕ್ಕೆಳೆಯುತ್ತದೆ, ಆದ್ದರಿಂದ ಅದನ್ನು ಮುಂಚಿತವಾಗಿ ಹೋಳುಗಳಿಗೆ ಹಾಕಬಾರದು. ನನ್ನನ್ನು ಕೇಳಿದರೆ ಆ ಗುಲಾಬಿ ಬಣ್ಣವೇ ಚೆಂದ. ದೊಡ್ಡಮ್ಮನವರ ಮಾತಿನಲ್ಲಿ ಹುರುಳಿದೆ, ಮಜ್ಜಿಗೆಯೂ ಹುಳಿಯೇ ತಾನೇ. ಆದರೆ ಅದರಲ್ಲಿ ವಾಸನೆ ನಿಜವಾಗಿ ಒಡೆಯುತ್ತದೆಯೋ, ಮಜ್ಜಿಗೆಯ ವಾಸನೆ ಅದನ್ನು ಮುಚ್ಚಿಹಾಕುತ್ತದೆಯೋ ಎಂಬುದನ್ನು ನಾಲಿಗೆಯಿಂದ ಬೇರ್ಪಡಿಸುವುದು ಕಷ್ಟ.

ಆಹಾರ ವಿಜ್ಞಾನ ಉಪನ್ಯಾಸಕರು: ಎರಡೂ ಸೇರಿರಬಹುದು. ಮಜ್ಜಿಗೆಯ ಹುಳಿ ನಿಂಬೆರಸಕ್ಕಿಂತ ಸೌಮ್ಯವಾದ್ದರಿಂದ ಮುಚ್ಚಿಹಾಕುವ ಪಾಲೇ ಹೆಚ್ಚೆಂದು ನನ್ನ ಊಹೆ.

ಓದುಗರು, ಉಡುಪಿ: ಹಾಗಾದರೆ ಬಜ್ಜಿಯಲ್ಲಿ ಹೇಗೂ ಮೊಸರು ಇರುವುದರಿಂದ ನಿಂಬೆರಸ ಬೇಡವೇ? ಎರಡೂ ಹಾಕಿದರೆ ಹುಳಿ ವಿಪರೀತವಾಗುತ್ತದೆ.

ಅಡುಗೆ ಗುತ್ತಿಗೆದಾರರು: ಸಿಹಿ ಮೊಸರನ್ನು ಬಳಸಿ, ಹೋಳುಗಳಿಗೆ ಅರ್ಧ ಚಮಚ ನಿಂಬೆರಸ ಸವರಿ ಬಿಟ್ಟು, ಬಸಿದ ಮೇಲೆ ಬೆರೆಸಿ. ಮೊಸರು ಆಗಲೇ ಹುಳಿಯಾಗಿದ್ದರೆ ನಿಂಬೆರಸ ಬಿಟ್ಟುಬಿಡಿ, ಆದರೆ ಸಿಪ್ಪೆಯ ಕೆಳಗಿನ ಪದರವನ್ನು ಹೆರೆಯುವುದನ್ನು ಬಿಡಬೇಡಿ.

ಪ್ರಶ್ನೆ ಕೇಳಿದವರು: ಕೊನೆಯದಾಗಿ ಒಂದು ಸಂದೇಹ. ಸಂಜೆ ಕೆಲಸದಿಂದ ಬಂದು ಇಡಿ ಗಡ್ಡೆ ಬೇಯಿಸಿ ತಣಿಸುವಷ್ಟು ಸಮಯ ಇರುವುದಿಲ್ಲ. ಹಿಂದಿನ ದಿನವೇ ಬೇಯಿಸಿ ಇಡಬಹುದೇ?

ಅಡುಗೆ ಗುತ್ತಿಗೆದಾರರು: ಧಾರಾಳವಾಗಿ ಇಡಬಹುದು, ಇನ್ನೂ ಒಳ್ಳೆಯದೇ. ತಣಿದು ಗಟ್ಟಿಯಾದ ಗಡ್ಡೆಯನ್ನು ಹೆಚ್ಚುವಾಗ ರಸ ಕಡಿಮೆ ಸೋರುತ್ತದೆ. ಸಿಪ್ಪೆ ತೆಗೆಯದೆ, ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನಗಳೊಳಗೆ ಬಳಸಿ. ನಿಮ್ಮ ನೀರಿನ ವಿಷಯ ಕೇಳಿದ ಮೇಲೆ ಒಂದು ಬದಲಾವಣೆ ಹೇಳಬೇಕಾಗಿದೆ: ಹೋಳುಗಳನ್ನು ಆ ನೀರಿನಲ್ಲಿ ತೊಳೆಯಬೇಡಿ, ಬಾಡಿಸುವಾಗ ನೀರು ಚಿಮುಕಿಸಬೇಕೆನಿಸಿದರೆ ಫಿಲ್ಟರ್ ನೀರನ್ನೇ ಬಳಸಿ.