ಜಾತಿ ವರ್ಗ, ಆದಾಯ, ತೃಪ್ತಿ, ಭೇಟಿ: ಯಾವುದಕ್ಕೆ ಸರಾಸರಿ ತೆಗೆಯಬಹುದು?

ಎಂ.ಲಿಬ್. ವಿದ್ಯಾರ್ಥಿನಿ, ತುಮಕೂರು:
ಎರಡು ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಓದುಗರ ಸರ್ವೆ ಮಾಡಿದ್ದೇನೆ. ಉತ್ತರಗಳಿಗೆಲ್ಲ ನಂಬರ್ ಕೊಟ್ಟು ಎಕ್ಸೆಲ್‌ಗೆ ತುಂಬಿದ್ದೇನೆ: ಮೀಸಲಾತಿ ವರ್ಗ, ತಿಂಗಳ ಆದಾಯದ ಸ್ಲ್ಯಾಬ್, ಸೇವೆಯ ಬಗ್ಗೆ ತೃಪ್ತಿ 1ರಿಂದ 5, ಹುಟ್ಟಿದ ವರ್ಷ, ಕಳೆದ ತಿಂಗಳು ಎಷ್ಟು ಸಲ ಬಂದರು. ಎಲ್ಲದಕ್ಕೂ ಮೀನ್, ಎಸ್.ಡಿ. ತೆಗೆ ಅಂತ ಗೈಡ್ ಹೇಳ್ತಾರೆ. ಹಾಗೆ ಮಾಡಿದರೆ ವೈವಾದಲ್ಲಿ ಸಿಕ್ಕಿಹಾಕಿಕೊಳ್ತೀಯ ಅಂತ ಸೀನಿಯರ್ ಒಬ್ಬರು ಹೆದರಿಸ್ತಾರೆ. ಸರ್ವೆ ಮಾಡಿದವರು ಹೇಳಿ, ನೀವೇನು ಮಾಡಿದ್ರಿ?

ಎಂ.ಕಾಂ. ಮುಗಿಸಿದವನು:
ನಿಮ್ಮ ಸೀನಿಯರ್ ಹೇಳಿದ್ದೇ ಸರಿ. ನಮಗೆ ಕಲಿಸಿದ್ದು ಒಂದೇ ಮಾತು: ನಂಬರ್ ನೀವು ಕೊಟ್ಟಿದ್ದಾದರೆ ಸರಾಸರಿ ತೆಗೆಯೋ ಹಾಗಿಲ್ಲ, ಕೈ-ಸ್ಕ್ವೇರ್ ಹಾಕಿ. ವರ್ಗಕ್ಕೂ ಅದೇ, ಸ್ಲ್ಯಾಬ್‌ಗೂ ಅದೇ, ತೃಪ್ತಿಗೂ ಅದೇ. ಭೇಟಿಗೆ ಮಾತ್ರ ಮೀನ್ ತೆಗೆಯಿರಿ. ನಮ್ಮ ಬ್ಯಾಚ್‌ನಲ್ಲಿ ಎಲ್ಲರೂ ಹಾಗೇ ಮಾಡಿದ್ದು, ಯಾರೂ ಕೇಳಲಿಲ್ಲ.

ನಿವೃತ್ತ ಸ್ಟ್ಯಾಟ್ ಮೇಷ್ಟ್ರು:
ವರ್ಗದ ವಿಷಯದಲ್ಲಿ ನಿಮ್ಮ ಮಾತು ಸರಿ. ತೃಪ್ತಿಯ ವಿಷಯದಲ್ಲಿ ಅರ್ಧ ಮಾತ್ರ ಸರಿ.

ಮೊದಲು ವರ್ಗ ನೋಡಮ್ಮ. ಪ್ರವರ್ಗ 1, 2ಎ, 2ಬಿ, 3ಎ, 3ಬಿ ಅಂತ ಬರೆದಾಗ ಏರುವ ಅಂಕಿಗಳ ಹಾಗೆ ಕಾಣುತ್ತದೆ. ಆದರೆ ನಿನ್ನ ಶೀಟಿನಲ್ಲಿ ಅವು ಬರೀ ಹೆಸರುಗಳು. ಸರಾಸರಿ 3.4 ಬಂತು ಅಂತಿಟ್ಟುಕೋ. ಅದು ಯಾವ ವರ್ಗ? ಎಷ್ಟು ಜನ, ಶೇಕಡಾ ಎಷ್ಟು, ಯಾವ ವರ್ಗದವರು ಜಾಸ್ತಿ, ಅಷ್ಟೇ ಹೇಳಲು ಬರುವುದು. ಎರಡು ಊರುಗಳನ್ನು ಹೋಲಿಸಬೇಕೆಂದರೆ ಕೈ-ಸ್ಕ್ವೇರ್. ಕೆಲವು ವರ್ಗಗಳಲ್ಲಿ ಇಬ್ಬರು ಮೂವರು ಮಾತ್ರ ಇದ್ದರೆ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕೆಳಗಿಳಿದು ಆ ಉತ್ತರ ನೆಚ್ಚುವಂತಿರುವುದಿಲ್ಲ. ಆಗ ವರ್ಗಗಳನ್ನು ಕೂಡಿಸು, ಇಲ್ಲವೇ ಫಿಶರ್ ಟೆಸ್ಟ್ ಹಾಕು.

ಇನ್ನು ತೃಪ್ತಿ. ಕೈ-ಸ್ಕ್ವೇರ್‌ಗೆ ಕ್ರಮದ ಗೊಡವೆಯೇ ಇಲ್ಲ. ‘ತುಂಬಾ ತೃಪ್ತಿ’ ಕಾಲಂ ತೆಗೆದು ‘ತೃಪ್ತಿ ಇಲ್ಲ’ ಪಕ್ಕ ಇಟ್ಟರೂ ಉತ್ತರ ಅದೇ ಬರುತ್ತದೆ. ಜನ ಕೊಟ್ಟ ಕ್ರಮವನ್ನು ನಾವೇ ಎಸೆದ ಹಾಗಾಯಿತು. ಸರಾಸರಿಯ ತೊಂದರೆ ಇದರ ಉಲ್ಟಾ: ಜನ ಕೊಡದೇ ಇದ್ದದ್ದನ್ನು ನಾವೇ ಸೇರಿಸುತ್ತೇವೆ. 2ರಿಂದ 3ಕ್ಕೂ 4ರಿಂದ 5ಕ್ಕೂ ಒಂದೇ ಅಂತರ ಅಂತ ಓದುಗರು ನಿನಗೆ ಹೇಳಿಲ್ಲವಲ್ಲ.

ಕಾಗದದ ಮೇಲೆ ಮಾಡಿ ನೋಡು. ಮೊದಲನೇ ಊರಲ್ಲಿ 10 ಜನ, ಎಲ್ಲರೂ 3 ಅಂದರು. ಎರಡನೇ ಊರಲ್ಲಿ 6 ಜನ 2 ಅಂದರು, 4 ಜನ 5 ಅಂದರು. ಸರಾಸರಿ 3.0 ಮತ್ತು 3.2, ಎರಡನೇ ಊರು ಮುಂದೆ. ಈಗ 2 ಅನ್ನುವ ಉತ್ತರಕ್ಕೆ 1.5 ಅಂತ ನಂಬರ್ ಕೊಡು. ಕ್ರಮ ಎಲ್ಲೂ ಕೆಟ್ಟಿಲ್ಲ. ಆದರೆ ಎರಡನೇ ಊರಿನ ಸರಾಸರಿ 2.9ಕ್ಕೆ ಇಳಿಯಿತು, ಮೊದಲನೇ ಊರು ಮುಂದೆ ಬಂತು! ಯಾರ ಉತ್ತರವೂ ಬದಲಾಗಿಲ್ಲ, ನಿನ್ನ ನಂಬರ್ ಮಾತ್ರ ಬದಲಾಗಿದೆ.

ಈಗ ಪ್ರತಿ ಊರಿಂದ ಒಬ್ಬೊಬ್ಬರನ್ನು ತೆಗೆದು ಜೋಡಿ ಮಾಡು. ಒಟ್ಟು 100 ಜೋಡಿ. ಅದರಲ್ಲಿ 60ರಲ್ಲಿ ಮೊದಲನೇ ಊರಿನವರು ಮೇಲು, 40ರಲ್ಲಿ ಎರಡನೆಯವರು. ಕ್ರಮ ಕೆಡಿಸದೆ ಯಾವ ನಂಬರ್ ಕೊಟ್ಟರೂ ಈ 60 ಅಲುಗುವುದಿಲ್ಲ. ಮ್ಯಾನ್-ವಿಟ್ನಿ ಟೆಸ್ಟ್ ಒಳಗೆ ಮಾಡುವುದು ಈ ಎಣಿಕೆಯನ್ನೇ. ಅದು ಮೀಡಿಯನ್ ಹೋಲಿಸುವ ಟೆಸ್ಟ್ ಅಂತ ಎಷ್ಟೋ ಥೀಸಿಸ್‌ಗಳಲ್ಲಿ ಬರೆದಿರುತ್ತಾರೆ, ನೀನು ಹಾಗೆ ಬರೆಯಬೇಡ. ಊರು ಮೂರಾದರೆ ಕ್ರಸ್ಕಲ್-ವಾಲಿಸ್.

ಫೀಲ್ಡ್ ಸೂಪರ್‌ವೈಸರ್, ಹುಬ್ಬಳ್ಳಿ:
5 ಪಾಯಿಂಟ್ ಇಡಬೇಕೋ 7 ಇಡಬೇಕೋ ಅಂತ ಕೇಳ್ತಿದ್ದೀರಾ? ಹಳ್ಳಿಯಲ್ಲಿ 5 ಸಾಕ್ರೀ. 7 ಇಟ್ರೆ ‘ಸ್ವಲ್ಪ ತೃಪ್ತಿ’ಗೂ ‘ತಕ್ಕಮಟ್ಟಿಗೆ ತೃಪ್ತಿ’ಗೂ ಏನು ವ್ಯತ್ಯಾಸ ಅಂತ ನಮ್ಮನ್ನೇ ಕೇಳ್ತಾರೆ.

ಇನ್ನೊಂದು ಮಾತು. ‘ಗೊತ್ತಿಲ್ಲ’ ಅಂದವರಿಗೆ ಏನು ಕೋಡ್ ಕೊಟ್ಟಿದ್ದೀರಿ? ನಮ್ಮಲ್ಲಿ 9 ಹಾಕ್ತೀವಿ. ಅದನ್ನು ಮಿಸ್ಸಿಂಗ್ ಅಂತ ಗುರುತು ಹಾಕದೆ ಮೀನ್ ತೆಗೆದ್ರೆ, ಏನೂ ಹೇಳದವರೇ ಎಲ್ಲರಿಗಿಂತ ತೃಪ್ತರು ಅಂತ ಆಗಿಬಿಡ್ತದ. ಮೊದಲು ಒಂದು ಎಣಿಕೆ ಟೇಬಲ್ ತೆಗೆದು ನೋಡ್ರಿ, 5ರ ಮೇಲೆ ಏನಾದ್ರೂ ಇದ್ರೆ ಅಲ್ಲೇ ಕಾಣ್ತದ.

ಎಂ.ಲಿಬ್. ವಿದ್ಯಾರ್ಥಿನಿ:
7 ಪಾಯಿಂಟ್ ವಿಷಯ ಕೇಳಿರಲಿಲ್ಲ ಸರ್, ಆದರೆ 9 ಇದೆ! ನೋಡಿದೆ. ಮೇಷ್ಟ್ರೇ, ಆದಾಯ ಹಣವೇ ಅಲ್ವಾ, ಅದಕ್ಕಾದರೂ ಮೀನ್ ಬರುತ್ತಾ? ಮತ್ತೆ ತೃಪ್ತಿ ನಿಜವಾಗಿ ಒಂದು ಪ್ರಶ್ನೆ ಅಲ್ಲ. ಪುಸ್ತಕ, ಸಮಯ, ಕೂರುವ ಜಾಗ ಅಂತ 6 ಪ್ರಶ್ನೆ. ಗೈಡ್ ಅವುಗಳ ಟೋಟಲ್ ತೆಗೆ ಅಂದಿದ್ದಾರೆ.

ನಿವೃತ್ತ ಸ್ಟ್ಯಾಟ್ ಮೇಷ್ಟ್ರು:
ರೂಪಾಯಿ ಕೇಳಿದ್ದರೆ ಬರುತ್ತಿತ್ತು. ನೀನು ಸ್ಲ್ಯಾಬ್ ಕೇಳಿದ್ದೀಯ, ಅಲ್ಲಿ ಕ್ರಮ ಮಾತ್ರ ಉಳಿದಿದೆ. ಪ್ರತಿ ಸ್ಲ್ಯಾಬ್‌ನ ನಡು ಬೆಲೆ ಹಿಡಿದು ಲೆಕ್ಕ ಹಾಕುವವರಿದ್ದಾರೆ. ‘50,000ಕ್ಕಿಂತ ಮೇಲೆ’ ಅನ್ನುವ ಕೊನೆಯ ಸ್ಲ್ಯಾಬ್‌ಗೆ ನಡು ಎಲ್ಲಿ? ಅಲ್ಲಿ ನೀನು ಏನು ಹಾಕುತ್ತೀಯೋ ಅದರ ಮೇಲೆ ಸರಾಸರಿ ಕುಣಿಯುತ್ತದೆ. ಮೀಡಿಯನ್ ಯಾವ ಸ್ಲ್ಯಾಬ್‌ನಲ್ಲಿ ಬಿತ್ತು ಅಂತ ಬರೆ, ಸಾಕು.

ಹುಟ್ಟಿದ ವರ್ಷದ ಸರಾಸರಿ ತೆಗೆಯಬಹುದು, ಕಳೆಯಬಹುದು. ಇಷ್ಟು ಪಟ್ಟು ಅನ್ನುವ ಮಾತು ಮಾತ್ರ ಅಲ್ಲಿ ನಡೆಯುವುದಿಲ್ಲ, ಏಕೆಂದರೆ ಇಸವಿಯ ಸೊನ್ನೆ ನಾವು ಇಟ್ಟುಕೊಂಡದ್ದು. ವಯಸ್ಸು ಮಾಡಿಕೋ, ಆ ತಕರಾರೂ ಹೋಗುತ್ತದೆ. ಭೇಟಿಗೆ ನಿಜವಾದ ಸೊನ್ನೆ ಇದೆ, 8 ಸಲ ಬಂದವರು 4 ಸಲ ಬಂದವರ ಎರಡರಷ್ಟು ಬಂದರು ಅನ್ನಬಹುದು. ಹಾಗಂತ ಮೀನ್ ಒಂದನ್ನೇ ಕೊಡಬೇಡ. ದಿನಾ ಪೇಪರ್ ಓದಲು ಬರುವ ನಾಲ್ಕು ಜನ ಇದ್ದರೆ ಅದನ್ನು ಮೇಲಕ್ಕೆ ಎಳೆದುಬಿಡುತ್ತಾರೆ. ಪಕ್ಕದಲ್ಲಿ ಮೀಡಿಯನ್ ಇರಲಿ.

6 ಪ್ರಶ್ನೆಗಳ ಟೋಟಲ್ ಬೇರೆ ವಿಷಯ. ಲೈಕರ್ಟ್ 1932ರಲ್ಲಿ ಹೇಳಿದ್ದೂ ಹಲವು ಪ್ರಶ್ನೆಗಳನ್ನು ಕೂಡಿಸುವುದನ್ನೇ. 6ರಿಂದ 30ರವರೆಗೆ ಹರಡುವ ಟೋಟಲ್‌ಗೆ ಮೀನ್, ಟಿ-ಟೆಸ್ಟ್ ಬಳಸುವುದು ರೂಢಿಯಲ್ಲಿದೆ. ನಿನ್ನ ಗೈಡ್ ಇದನ್ನೇ ಹೇಳಿದ್ದರೆ ಅವರ ಜೊತೆ ಜಗಳ ಬೇಡ. ‘ಪುಸ್ತಕ ಸಿಗುವುದಿಲ್ಲ’ ಅನ್ನುವಂಥ ಉಲ್ಟಾ ಪ್ರಶ್ನೆ ಇದ್ದರೆ ಮಾತ್ರ ಕೂಡಿಸುವ ಮುಂಚೆ ಅದರ ನಂಬರ್ ತಿರುಗಿಸು, 5 ಇದ್ದದ್ದು 1 ಆಗಲಿ.

ಎಂ.ಕಾಂ. ಮುಗಿಸಿದವನು:
ಇದು ನ್ಯಾಯವಾ ಸರ್? ಒಂದೊಂದಕ್ಕೆ ಅಂತರ ಗೊತ್ತಿಲ್ಲ ಅಂದ ಮೇಲೆ ಆರು ಕೂಡಿಸಿದರೆ ಗೊತ್ತಾಗಿಬಿಡುತ್ತಾ?

ನಿವೃತ್ತ ಸ್ಟ್ಯಾಟ್ ಮೇಷ್ಟ್ರು:
ಗೊತ್ತಾಗುವುದಿಲ್ಲ. ಒಳ್ಳೆ ಪ್ರಶ್ನೆ. ಬರೀ ಹೆಸರು, ಕ್ರಮ, ಸಮ ಅಂತರ, ನಿಜವಾದ ಸೊನ್ನೆ ಅಂತ ಅಂಕಿಗಳನ್ನು ನಾಲ್ಕಾಗಿ ವಿಂಗಡಿಸಿದ ಸ್ಟೀವನ್ಸ್ 1946ರ ಅದೇ ಲೇಖನದಲ್ಲಿ, ಕ್ರಮದ ಅಂಕಿಗಳಿಗೆ ಸರಾಸರಿ ತೆಗೆಯುವುದು ನಿಯಮಕ್ಕೆ ಹೊರಗಾದರೂ ಎಷ್ಟೋ ಸಲ ಪ್ರಯೋಜನಕ್ಕೆ ಬರುತ್ತದೆ ಅಂತ ಒಪ್ಪಿದ್ದಾರೆ. ಅಂಕಿಗಳಿಗೆ ತಾವು ಎಲ್ಲಿಂದ ಬಂದೆವೆಂದು ಗೊತ್ತಿರುವುದಿಲ್ಲ ಅಂತ ಲಾರ್ಡ್ 1953ರಲ್ಲಿ ಫುಟ್‌ಬಾಲ್ ಆಟಗಾರರ ಜೆರ್ಸಿ ನಂಬರ್ ಹಿಡಿದು ಕೀಟಲೆ ಮಾಡಿದರು. ವಾದ ಇನ್ನೂ ನಡೆಯುತ್ತಲೇ ಇದೆ. ನಾನು ಟಿ-ಟೆಸ್ಟ್, ಮ್ಯಾನ್-ವಿಟ್ನಿ ಎರಡನ್ನೂ ಹಾಕಿಸುತ್ತಿದ್ದೆ. ಒಂದೇ ತೀರ್ಮಾನ ಬಂದರೆ ಯಾರೂ ಕೆಣಕುವುದಿಲ್ಲ.

ಡೇಟಾ ಕೆಲಸದವಳು, ಪುಣೆ:
ಬೇರೆ ಬೇರೆ ತೀರ್ಮಾನ ಬಂದರೆ ಏನು ಮಾಡಬೇಕು ಅನ್ನೋದೇ ಕಷ್ಟ. ನಾನಾದರೆ ಹಂಚಿಕೆಯ ಬಾರ್ ಚಾರ್ಟ್ ನೋಡಿ ನಿರ್ಧರಿಸ್ತೀನಿ. ಮೇಷ್ಟ್ರ ಎರಡನೇ ಊರಿನ ಹಾಗೆ ಅರ್ಧ ಜನ ಈ ತುದಿ, ಅರ್ಧ ಜನ ಆ ತುದಿ ಇದ್ದರೆ ಮೀನ್ ಮಾತ್ರ ಅಲ್ಲ, ಮೀಡಿಯನ್ನೂ ಕಥೆ ಹೇಳಲ್ಲ. ಶೇಕಡಾ ಟೇಬಲ್ಲೇ ಕೊಡಬೇಕು.

ಎಸ್‌ಪಿಎಸ್‌ಎಸ್ ಬಳಸ್ತೀರಾದರೆ Measure ಕಾಲಂನಲ್ಲಿ Nominal, Ordinal, Scale ಅಂತ ಮೂರೇ ಇರ್ತವೆ. ಹುಟ್ಟಿದ ವರ್ಷ, ಭೇಟಿ ಎರಡೂ Scale. ಅಲ್ಲಿ Nominal ಅಂತ ಹಾಕಿದ್ದರೂ Descriptives ಕೇಳಿದರೆ ಸುಮ್ನೆ ಮೀನ್ ಕೊಟ್ಟುಬಿಡುತ್ತೆ. R ಆದರೆ ಹೀಗೆ ಮಾಡಿ:

```r
d$varga <- factor(d$varga)
mean(d$varga)
```

NA ಕೊಟ್ಟು ಎಚ್ಚರಿಸುತ್ತೆ.

ಎಂ.ಲಿಬ್. ವಿದ್ಯಾರ್ಥಿನಿ:
ಎರಡೂ ಟೆಸ್ಟ್ ಹಾಕಿದೆ. ಟೋಟಲ್‌ಗೆ ತೀರ್ಮಾನ ಒಂದೇ. ‘ಕೂರುವ ಜಾಗ’ದ ಪ್ರಶ್ನೆಯೊಂದಕ್ಕೆ ಮಾತ್ರ ಟಿ-ಟೆಸ್ಟ್ ಒಂದು ಹೇಳುತ್ತೆ, ಮ್ಯಾನ್-ವಿಟ್ನಿ ಇನ್ನೊಂದು. ಟೇಬಲ್ ಹಾಕಿ ನಾಳೆ ಗೈಡ್‌ಗೆ ತೋರಿಸ್ತೀನಿ.